ಅಮ್ಮನ ಹೊಸ ವಾಚಿಗೆ ನಾನು ಬರೆದುಕೊಟ್ಟ ಕಾರ್ಡ್

ಅಮ್ಮನಿಗೆ ಆ್ಯಪಲ್ ವಾಚ್ ಕಟ್ಟಿದ ಮೇಲೆ ಅದರ ತುರ್ತು ಸೌಲಭ್ಯಗಳ ಬಗ್ಗೆ ಒಂದು ಕಾರ್ಡ್ ಬರೆದುಕೊಟ್ಟೆ. ಮೊದಲ ಕರಡಿನಲ್ಲಿ ಹನ್ನೊಂದು ವಿಷಯಗಳಿದ್ದವು, ಕೊನೆಗೆ ಉಳಿದದ್ದು ನಾಲ್ಕು. ಎದೆಬಡಿತದ ಎಚ್ಚರಿಕೆಯಂಥವನ್ನು ತೆಗೆದುಹಾಕಿದೆ. ಅವು ಬಂದಾಗ ಓದಿ ನನಗೆ ಹೇಳಿದರೆ ಸಾಕು, ಆ ಗಳಿಗೆಯಲ್ಲಿ ಬೆರಳಿನಿಂದ ಮಾಡಬೇಕಾದ್ದೇನೂ ಇಲ್ಲ. ಬಿದ್ದಾಗ ಮತ್ತು ಸಹಾಯ ಬೇಕಾದಾಗ ಕೈ ಏನು ಮಾಡಬೇಕು ಎಂಬುದಷ್ಟೇ ಕಾರ್ಡಿಗೆ ಬೇಕಾದದ್ದು.

ಕಾರ್ಡ್ ಬರೆಯುವ ಮೊದಲು ಫೋನಿನಲ್ಲಿ ಮಾಡಿ ಮುಗಿಸುವ ಕೆಲಸ ಒಂದಿಷ್ಟಿದೆ. ಅದು ಸರಿಯಿಲ್ಲದಿದ್ದರೆ ಕಾರ್ಡಿನಲ್ಲಿ ಬರೆದದ್ದೆಲ್ಲ ಸುಳ್ಳಾಗುತ್ತದೆ. ಅಮ್ಮನ ಐಫೋನಿನ Watch ಆ್ಯಪಿನಲ್ಲಿ Emergency SOS ತೆರೆದು Fall Detection ಆನ್ ಇದೆಯೇ, ಅದರಡಿ Always on ಆಯ್ಕೆಯಾಗಿದೆಯೇ ಎಂದು ನೋಡಿದೆ. ವಾಚ್ ಹೊಂದಿಸುವಾಗ ಕೊಟ್ಟ ವಯಸ್ಸು 55 ಅಥವಾ ಹೆಚ್ಚಿದ್ದರೆ ಇದು ತಾನಾಗಿಯೇ ಆನ್ ಆಗಿರುತ್ತದೆ. ಆದರೆ ಅವಸರದಲ್ಲಿ ಯಾವುದೋ ಹುಟ್ಟಿದ ವರ್ಷ ಒತ್ತಿ ಮುಂದೆ ಹೋಗಿದ್ದರೆ ವಾಚ್ ಅಮ್ಮನನ್ನು ಕಿರಿಯಳೆಂದೇ ನಂಬಿ, ವ್ಯಾಯಾಮ ದಾಖಲಿಸುವಾಗ ಮಾತ್ರ ಬೀಳುವುದನ್ನು ಗಮನಿಸಬಹುದು. ಹಾಗಾಗಿ ಹುಟ್ಟಿದ ದಿನಾಂಕವನ್ನೂ Health ಆ್ಯಪಿನಲ್ಲಿ ತೆರೆದು ನೋಡಬೇಕು.

ಇನ್ನೊಂದು ಸ್ವಿಚ್ ಬಹಳ ಜನರ ಕಣ್ಣು ತಪ್ಪುತ್ತದೆ: Passcode ಪುಟದಲ್ಲಿರುವ, ವಾಚ್ ಕೈಯಲ್ಲಿದೆಯೇ ಎಂದು ಗುರುತಿಸುವ Wrist Detection. ಪಾಸ್‌ಕೋಡಿನ ರಗಳೆ ಬೇಡವೆಂದು ಇದನ್ನು ಆಫ್ ಮಾಡುವವರಿದ್ದಾರೆ. ಇದು ಆಫ್ ಆಗಿದ್ದರೆ ವಾಚಿಗೆ ಬಿದ್ದದ್ದು ಗೊತ್ತಾದರೂ ಅದು ತಾನಾಗಿ ತುರ್ತು ಸೇವೆಗೆ ಕರೆ ಮಾಡುವುದಿಲ್ಲ. ಕೊನೆಯದಾಗಿ Health ಆ್ಯಪಿನ Medical ID ಪುಟದಲ್ಲಿ ನನ್ನ ಮತ್ತು ತಂಗಿಯ ಸಂಖ್ಯೆಗಳನ್ನು ತುರ್ತು ಸಂಪರ್ಕಗಳಾಗಿ ಸೇರಿಸಿ, Show When Locked ಆನ್ ಮಾಡಿದೆ. ಅಮ್ಮ ತೆಗೆದುಕೊಳ್ಳುವ ಮಾತ್ರೆಗಳು, ಅಲರ್ಜಿ ಎಲ್ಲವೂ ಅಲ್ಲೇ ಸೇರಿದವು.

ಇನ್ನು ಕಾರ್ಡಿನ ತಿರುಳಿಗೆ ಬರುತ್ತೇನೆ. ‘ಬಿದ್ದರೆ ವಾಚೇ ಫೋನ್ ಮಾಡುತ್ತೆ’ ಎಂಬ ಮಾತು ಅರ್ಧ ಮಾತ್ರ ನಿಜ. ಜೋರಾಗಿ ಬಿದ್ದದ್ದು ಗೊತ್ತಾದ ಕೂಡಲೇ ವಾಚ್ ಮಣಿಕಟ್ಟನ್ನು ತಟ್ಟಿ, ಸದ್ದು ಮಾಡಿ, ಪರದೆಯ ಮೇಲೆ ಕೇಳುತ್ತದೆ. ಸುಮಾರು ಒಂದು ನಿಮಿಷ ಯಾವ ಅಲುಗಾಟವೂ ಇಲ್ಲದಿದ್ದರೆ 30 ಸೆಕೆಂಡಿನ ಎಣಿಕೆ ಶುರುವಾಗುತ್ತದೆ, ಸದ್ದು ಏರುತ್ತಾ ಹೋಗುತ್ತದೆ, ಎಣಿಕೆ ಮುಗಿದ ಮೇಲೆ ಕರೆ ಹೋಗುತ್ತದೆ. ಅಂದರೆ ಬಿದ್ದಾಗಿನಿಂದ ಹೆಚ್ಚುಕಡಿಮೆ ಒಂದೂವರೆ ನಿಮಿಷ. ಆದರೆ ಬಿದ್ದವರು ಅಲುಗಾಡುತ್ತಿದ್ದರೆ ವಾಚ್ ಅವರ ಉತ್ತರಕ್ಕೆ ಕಾಯುತ್ತದೆ, ತಾನಾಗಿ ಕರೆ ಮಾಡುವುದಿಲ್ಲ. ಸ್ನಾನದ ಮನೆಯಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡವರು ಸುಮ್ಮನೆ ಮಲಗಿರುವುದಿಲ್ಲ. ಕೈಯೂರಿ ಏಳಲು ನೋಡುತ್ತಾರೆ, ಗೋಡೆ ಹಿಡಿಯುತ್ತಾರೆ, ಬಾಗಿಲು ಬಡಿಯುತ್ತಾರೆ. ವಾಚಿಗೆ ಕಾಣುವುದು ಎಚ್ಚರವಾಗಿರುವ, ಕೈಯಾಡಿಸುತ್ತಿರುವ ಮನುಷ್ಯ. ಇತ್ತ ಅಮ್ಮ ಅದು ಕರೆ ಮಾಡೀತೆಂದು ಕಾಯುತ್ತಿದ್ದರೆ ಅತ್ತ ವಾಚ್ ಅಮ್ಮನ ಉತ್ತರಕ್ಕೆ ಕಾಯುತ್ತಿರುತ್ತದೆ. ಕಾರ್ಡಿನ ಮೊದಲ ಸಾಲು ಈ ಕಾರಣಕ್ಕೇ ಹಾಗಿದೆ.

ಎರಡನೆಯ ತಪ್ಪು ತಿಳಿವಳಿಕೆ ಕರೆ ಯಾರಿಗೆ ಹೋಗುತ್ತದೆ ಎಂಬುದು. ಬಟನ್ ಒತ್ತಿದರೆ ಮಗನಿಗೆ ಫೋನ್ ಹೋಗುತ್ತದೆಂದು ಅಮ್ಮಂದಿರು ತಿಳಿದಿರುತ್ತಾರೆ. ಹೋಗುವುದು ಆ ಸ್ಥಳದ ತುರ್ತು ಸೇವೆಗೆ. ಆ ಕರೆ ಮುಗಿದ ಮೇಲೆ, ಬೇಡವೆಂದು ರದ್ದು ಮಾಡದಿದ್ದರೆ, ತುರ್ತು ಸಂಪರ್ಕದಲ್ಲಿರುವ ನಮಗೆ ಅಮ್ಮ ಇರುವ ಜಾಗದ ಸಮೇತ ಸಂದೇಶ ಬರುತ್ತದೆ. ಇದನ್ನು ಮೊದಲೇ ಹೇಳದಿದ್ದರೆ ಅಪರಿಚಿತ ದನಿ ಕೇಳಿದ ಕೂಡಲೇ ‘ರಾಂಗ್ ನಂಬರ್’ ಎಂದು ಕರೆ ಕತ್ತರಿಸಿಬಿಡುವ ಸಾಧ್ಯತೆಯೇ ಹೆಚ್ಚು.

ಕಾರ್ಡಿನಲ್ಲಿ ‘ಡಿಜಿಟಲ್ ಕ್ರೌನ್’, ‘ಸೈಡ್ ಬಟನ್’ ಎಂಬ ಹೆಸರುಗಳನ್ನು ಬಳಸಲಿಲ್ಲ. ತಿರುಗುವುದು ಗುಂಡು ಬಟನ್, ಅದರ ಪಕ್ಕದಲ್ಲಿ ಚಪ್ಪಟೆಯಾಗಿರುವುದು ಉದ್ದ ಬಟನ್. ಈ ವ್ಯತ್ಯಾಸವನ್ನು ಬರೆಯಲೇಬೇಕು. ಗಾಬರಿಯಲ್ಲಿ ಗುಂಡು ಬಟನ್ ಒತ್ತಿ ಹಿಡಿದರೆ ಸಿರಿ ಬಂದು ‘ಏನು ಬೇಕು’ ಎನ್ನುತ್ತದೆ. ಎರಡನ್ನೂ ಒಟ್ಟಿಗೆ ಅದುಮಿ ಹತ್ತು ಸೆಕೆಂಡು ಹಿಡಿದರಂತೂ ವಾಚ್ ಆಫ್ ಆಗಿ ಮತ್ತೆ ಆನ್ ಆಗುತ್ತದೆ, ಅಷ್ಟು ಹೊತ್ತು ಕರೆಯೂ ಇಲ್ಲ, ಏನೂ ಇಲ್ಲ. ಹೆದರಿದವರು ಎರಡು ಬೆರಳಲ್ಲಿ ವಾಚನ್ನೇ ಹಿಂಡುವುದು ಸಹಜ. ‘ಒಂದೇ ಬಟನ್’ ಎಂಬುದಕ್ಕೆ ಅಡಿಗೆರೆ ಹಾಕಿದ್ದು ಅದಕ್ಕೇ.

ಕಾರ್ಡಿನ ಮುಂಬದಿಯಲ್ಲಿರುವುದು ಇಷ್ಟು:

ಅಮ್ಮಾ, ಬಿದ್ದು ನೋವಾಗಿದ್ದರೆ ವಾಚ್ ತಾನೇ ಫೋನ್ ಮಾಡಲಿ ಅಂತ ಕಾಯಬೇಡ. ಪರದೆಯ ಮೇಲೆ SOS ಅಂತ ಕೆಂಪು ಗುರುತು ಇರುತ್ತೆ, ಅದನ್ನು ಬೆರಳಲ್ಲಿ ಬಲಕ್ಕೆ ಎಳೆ. ನೀನು ಸ್ವಲ್ಪವೂ ಅಲುಗಾಡದೆ ಬಿದ್ದಿದ್ದರೆ ಮಾತ್ರ ಅದು ತಾನೇ ಮಾಡುತ್ತೆ.

ಬಿದ್ದೆ, ಆದರೆ ಏನೂ ಆಗಿಲ್ಲ ಅಂತಾದರೆ I'm OK ಅಂತ ಇರುವುದನ್ನು ಮುಟ್ಟು. ಎದ್ದು ನಿಂತು ನೋಡಿದ ಮೇಲೆ ಮುಟ್ಟು, ಅದಕ್ಕೆ ಮೊದಲು ಬೇಡ.

ಬೀಳದೆ ಬೇರೆ ಏನಾದರೂ ಆದರೆ, ಎದೆನೋವು, ಉಸಿರು ಕಟ್ಟುವುದು, ಮನೆಯಲ್ಲಿ ಬೆಂಕಿ: ಉದ್ದ ಬಟನ್ ಒಂದನ್ನೇ ಒತ್ತಿ ಹಿಡಿ. ವಾಚ್ ಜೋರಾಗಿ ಕೂಗಿ ಎಣಿಸುತ್ತೆ. ಎಣಿಕೆ ಮುಗಿಯುವವರೆಗೂ ಬಿಡಬೇಡ. ಕೈ ಒದ್ದೆ ಇದ್ದರೂ ಇದೇ ದಾರಿ.

ಫೋನ್ ಎತ್ತುವವರು ನಾನಲ್ಲ, ತುರ್ತು ಸೇವೆಯವರು. ಬಿದ್ದಾಗ ಮೊದಲು ವಾಚೇ ಅವರ ಹತ್ತಿರ ಮಾತಾಡುತ್ತೆ, ಆಮೇಲೆ ಅದರ ದನಿ ತಗ್ಗುತ್ತೆ, ಆಗ ನೀನು ಮಾತಾಡು. ಏನಾಯಿತು, ಎಲ್ಲಿದ್ದೀಯ, ಬಾಗಿಲು ಒಳಗಿಂದ ಹಾಕಿದೆಯಾ ಅಂತ ಹೇಳು. ಅವರು ಸಾಕು ಅನ್ನುವವರೆಗೂ ಕಟ್ ಮಾಡಬೇಡ. ಕಟ್ ಆದ ಮೇಲೆ ನನಗೂ ತಂಗಿಗೂ ಮೆಸೇಜ್ ತಾನಾಗಿ ಬರುತ್ತೆ.

ಮುಂಬದಿ ಅಲ್ಲಿಗೆ ಮುಗಿಯಿತು. ಬಾಗಿಲಿನ ಮಾತು ವಿಚಿತ್ರವೆನಿಸಬಹುದು. ಆದರೆ ವಾಚ್ ಕಳಿಸುವುದು ಅಕ್ಷಾಂಶ, ರೇಖಾಂಶ ಮತ್ತು ಸುತ್ತಮುತ್ತ ಎಷ್ಟು ದೂರ ಹುಡುಕಬೇಕೆಂಬ ಅಂದಾಜು. ಯಾವ ಮಹಡಿ, ಯಾವ ಕೋಣೆ, ಚಿಲಕ ಹಾಕಿದೆಯೇ ಎಂಬುದು ಅದಕ್ಕೆ ತಿಳಿಯದು. ಒದ್ದೆ ಕೈಯ ಮಾತಿಗೂ ಕಾರಣವಿದೆ. ನೀರು ಬಿದ್ದ ಪರದೆ ಬೆರಳನ್ನು ಸರಿಯಾಗಿ ಗುರುತಿಸದೆ, ಎಳೆದದ್ದು ಅರ್ಧಕ್ಕೇ ಹಿಂದೆ ಜಾರುತ್ತದೆ. ಬಟನ್ನಿಗೆ ಆ ತೊಂದರೆ ಇಲ್ಲ.

ಹಿಂಬದಿಯಲ್ಲಿ ದಿನನಿತ್ಯದ ಮೂರು ಮಾತುಗಳಿವೆ. ನಮ್ಮದು ಸೆಲ್ಯುಲಾರ್ ಇಲ್ಲದ ವಾಚಾದ್ದರಿಂದ ಅದರ ಕರೆ ಫೋನಿನ ಮೂಲಕವೇ ಹೋಗಬೇಕು, ಇಲ್ಲವೇ ವೈಫೈ ಕಾಲಿಂಗ್ ಹೊಂದಿಸಿದ್ದು ಪರಿಚಿತ ವೈಫೈ ಸಿಗಬೇಕು. ಬ್ಲೂಟೂತ್ ಎಟಕುವುದು ಸುಮಾರು ಹತ್ತು ಮೀಟರ್, ನಡುವೆ ಗೋಡೆಗಳಿದ್ದರೆ ಇನ್ನೂ ಕಡಿಮೆ. ‘ವಾಚಿನ ಮೇಲ್ಭಾಗದಲ್ಲಿ ಗೆರೆ ಹೊಡೆದ ಕೆಂಪು ಫೋನ್ ಚಿತ್ರ ಕಂಡರೆ ಫೋನನ್ನು ಹತ್ತಿರ ತಂದಿಟ್ಟುಕೋ, ಹೊರಗೆ ಹೋಗುವಾಗ ಬಿಟ್ಟು ಹೋಗಬೇಡ’ ಎಂದು ಬರೆದೆ. ಎರಡನೆಯದು ಚಾರ್ಜಿಂಗ್. ಚಾರ್ಜರಿನ ಮೇಲಿರುವ ವಾಚಿಗೆ ಅಮ್ಮ ಬಿದ್ದದ್ದು ಗೊತ್ತಾಗದು. ಎಲ್ಲರಂತೆ ರಾತ್ರಿ ಚಾರ್ಜಿಗೆ ಹಾಕಿದರೆ, ನಿದ್ದೆಗಣ್ಣಲ್ಲಿ ಎದ್ದು ಬಚ್ಚಲಿಗೆ ಹೋಗುವ ಹೊತ್ತಿಗೇ ಕೈ ಬರಿದಾಗಿರುತ್ತದೆ. ಸಂಜೆ ಕುಳಿತು ಟೀವಿ ನೋಡುವ ಹೊತ್ತನ್ನು ಅದಕ್ಕೆ ಗೊತ್ತು ಮಾಡಿದೆ. ಮೂರನೆಯದು, ಎಚ್ಚರಿಕೆ ತಪ್ಪಾಗಿ ಬಂದಾಗಿನ ಮಾತು. ಬೇಡದಿದ್ದಾಗ ವಾಚ್ ಕೂಗಿ ಎಣಿಸತೊಡಗಿದರೆ ಬಟನ್ ಬಿಟ್ಟರೆ ಸಾಕು, ನಿಲ್ಲುತ್ತದೆ. ಕರೆ ಹೋಗಿಯೇ ಬಿಟ್ಟಿದ್ದರೆ ಗಾಬರಿಯಲ್ಲಿ ಕತ್ತರಿಸದೆ, ‘ತಪ್ಪಾಗಿ ಒತ್ತಿದೆ, ನಾನು ಚೆನ್ನಾಗಿದ್ದೇನೆ’ ಎಂದು ಹೇಳಬೇಕು.

ವಾಚ್ ಎಲ್ಲ ಬೀಳುವಿಕೆಯನ್ನೂ ಹಿಡಿಯುವುದಿಲ್ಲ. ಅದು ಗಮನಿಸುವುದು ಮಣಿಕಟ್ಟಿನ ಚಲನೆಯನ್ನು ಮತ್ತು ನೆಲಕ್ಕೆ ಬಡಿದ ಪೆಟ್ಟನ್ನು. ಕುರ್ಚಿಯಿಂದ ಮೆಲ್ಲಗೆ ಜಾರಿ ಕುಸಿದರೆ, ಗೋಡೆ ಹಿಡಿದುಕೊಂಡೇ ಕೆಳಗಿಳಿದರೆ ಅದು ಸುಮ್ಮನಿರಬಹುದು. ಇದನ್ನು ಕಾರ್ಡಿನಲ್ಲಿ ‘ವಾಚ್ ಕೇಳದಿದ್ದರೂ ಉದ್ದ ಬಟನ್ ಇದ್ದೇ ಇದೆ’ ಎಂಬ ಒಂದೇ ಸಾಲಿಗೆ ಇಳಿಸಿದೆ.

ಮುದ್ರಣದ ಬಗ್ಗೆ ಎರಡು ಮಾತು. ಎ5 ಅಳತೆಯ ದಪ್ಪ ಕಾಗದ, 18 ಪಾಯಿಂಟಿನ ಅಕ್ಷರ. ಕನ್ನಡದಲ್ಲಿ ಮಂಜಾದ ಕಣ್ಣಿಗೆ ಮೊದಲು ಕಲಸಿಹೋಗುವುದು ಒತ್ತಕ್ಷರ. ಸಾಲುಗಳು ಹತ್ತಿರವಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಸಾಲಿನ ಅಂತರವನ್ನು ಒಂದೂವರೆಗೆ ಏರಿಸಿದ ಮೇಲೆ ಓದು ಸಲೀಸಾಯಿತು. ದಪ್ಪಕ್ಷರವನ್ನು ‘ಒಂದೇ’, ‘ಕಾಯಬೇಡ’ ಎಂಬಂಥ ಮಾತುಗಳಿಗಷ್ಟೇ ಇಟ್ಟುಕೊಂಡೆ, ಎಲ್ಲವೂ ದಪ್ಪವಾದರೆ ಕನ್ನಡದ ಸುರುಳಿಗಳು ತುಂಬಿಹೋಗಿ ‘ಪ’ ಯಾವುದು, ‘ವ’ ಯಾವುದು ತಿಳಿಯದು. ಲ್ಯಾಮಿನೇಶನ್ ಮ್ಯಾಟ್ ಇರಲಿ, ಹೊಳಪಿನದು ದೀಪದ ಕೆಳಗೆ ಮಿಂಚುತ್ತದೆ. ಚಿತ್ರಕ್ಕಾಗಿ ವಾಚನ್ನೇ ಕಾಗದದ ಮೇಲಿಟ್ಟು ಸುತ್ತ ಗೆರೆ ಎಳೆದು, ಉದ್ದ ಬಟನ್ ಒಂದಕ್ಕೇ ಕೆಂಪು ಬಣ್ಣ ತುಂಬಿದೆ. ನಿಜ ಗಾತ್ರದಲ್ಲಿದ್ದರೆ ಕೈಯ ವಾಚನ್ನು ಪಕ್ಕದಲ್ಲಿಟ್ಟು ಹೋಲಿಸಲು ಸುಲಭ.

ಕೊನೆಗೆ ಅಭ್ಯಾಸ. ಬೀಳುವುದನ್ನು ಪರೀಕ್ಷಿಸಲು ವಾಚನ್ನು ನೆಲಕ್ಕೆ ಎಸೆದು ನೋಡುವವರಿದ್ದಾರೆ. ಕೈಯಲ್ಲಿಲ್ಲದ ವಾಚ್ ಅದನ್ನು ಮನುಷ್ಯ ಬಿದ್ದಂತೆ ನೋಡುವುದಿಲ್ಲ, ಗಾಜು ಒಡೆಯುವುದಷ್ಟೇ ಲಾಭ. ಬಟನ್ನಿನ ಅಭ್ಯಾಸವನ್ನು ಮಾತ್ರ ಸುರಕ್ಷಿತವಾಗಿ ಮಾಡಬಹುದು. Watch ಆ್ಯಪಿನ Emergency SOS ಪುಟದಲ್ಲಿ Hold Side Button to Dial ಆಫ್ ಮಾಡಿದರೆ ಬಟನ್ ಎಷ್ಟು ಹೊತ್ತು ಹಿಡಿದರೂ ಪರದೆಯ ಮೇಲೆ ಬೆರಳಿನಿಂದ ಎಳೆಯುವ ಪಟ್ಟಿಗಳು ಬಂದು ನಿಲ್ಲುತ್ತವೆಯೇ ಹೊರತು ಕರೆ ಹೋಗುವುದಿಲ್ಲ. ಹಾಗೆ ಮಾಡಿ, ಕಾರ್ಡ್ ಅಮ್ಮನ ಕೈಗೆ ಕೊಟ್ಟು, ನಾನು ಬಾಯಿ ಬಿಡದೆ ಕುಳಿತೆ. ಯಾವ ಸಾಲಿನಲ್ಲಿ ಬೆರಳು ಅನುಮಾನಿಸಿತೋ ಆ ಸಾಲನ್ನು ತಿದ್ದಿ ಮತ್ತೆ ಮುದ್ರಿಸಿದೆ. ‘ಬದಿಯ ಬಟನ್’ ಎಂದಿದ್ದದ್ದು ‘ಉದ್ದ ಬಟನ್’ ಆದದ್ದು ಹಾಗೆ, ಎರಡು ಬಟನ್ನೂ ಬದಿಯಲ್ಲೇ ಇವೆಯಲ್ಲ. ಅಭ್ಯಾಸ ಮುಗಿದ ಕೂಡಲೇ ಆ ಸ್ವಿಚ್ಚನ್ನು ಮತ್ತೆ ಆನ್ ಮಾಡಿದೆ. ಅದನ್ನು ಮರೆತರೆ ಕಾರ್ಡ್ ಹೇಳಿದಂತೆ ಅಮ್ಮ ಬಟನ್ ಹಿಡಿದೇ ಕುಳಿತಿರುತ್ತಾಳೆ, ಕರೆ ಹೋಗಿರುವುದಿಲ್ಲ.