ನಿಶಾನೆಗೆ ನೀರು ತಾಗುವ ಅರ್ಧ ಸೆಕೆಂಡ್: ಕಂಬಳದ ಕ್ಲಿಪ್‌ನ ವೇಗ ಇಳಿಸಿದ್ದು, ಏರಿಸಿದ್ದು

ಕಂಬಳದಲ್ಲಿ ಕನೆಹಲಗೆ ಓಟ ನೋಡಿದವರಿಗೆ ಇದು ಗೊತ್ತಿರುತ್ತದೆ. ಅಲ್ಲಿ ಯಾರು ಮೊದಲು ಮುಟ್ಟಿದರು ಅನ್ನುವುದು ಲೆಕ್ಕಕ್ಕಿಲ್ಲ. ಕೋಣಗಳು ಎಳೆಯುವ ಹಲಗೆಯಲ್ಲಿ ತೂತುಗಳಿರುತ್ತವೆ. ಓಡಿಸುವವನು ಅದರ ಮೇಲೆ ಕಾಲಿಟ್ಟು ನಿಂತಿರುತ್ತಾನೆ. ತೂತಿನಿಂದ ನೀರು ಮೇಲಕ್ಕೆ ಚಿಮ್ಮಿ, ಕೋಣ ಓಡುವ ಕೆಸರಿನ ಹಾದಿಯಾದ ಕರೆಯ ಮೇಲೆ ಅಡ್ಡಕ್ಕೆ ಕಟ್ಟಿದ ಬಟ್ಟೆಗೆ, ಅಂದರೆ ನಿಶಾನೆಗೆ, ತಾಗಬೇಕು. ಅದು ನಡೆಯುವುದು ಅರ್ಧ ಸೆಕೆಂಡಿನಲ್ಲಿ. ವಿಡಿಯೋ ಮಾಡುವವನಿಗೆ ಆ ಅರ್ಧ ಸೆಕೆಂಡೇ ಎಲ್ಲ.

ಮೊದಲ ವರ್ಷ ನಾನು ಸೆಕೆಂಡಿಗೆ 25 ಫ್ರೇಮ್‌ನಲ್ಲಿ ಶೂಟ್ ಮಾಡಿದ್ದೆ. ಎಡಿಟಿಂಗ್‌ನಲ್ಲಿ 20%ಗೆ ನಿಧಾನ ಮಾಡಿ, ಜರ್ಕ್ ಹೋಗಲಿ ಅಂತ Frame Blend ಹಾಕಿದೆ. ಕೋಣಗಳ ಯಜಮಾನರು ನೋಡಿ ಕೇಳಿದರು, “ನೀರು ತಾಗಿದ್ದು ಎಲ್ಲಿ ಮಾರಾಯ್ರೆ? ಎಲ್ಲ ಹೊಗೆ ಹೊಗೆ ಕಾಣ್ತದಲ್ಲ.” ಅವರು ಹೇಳಿದ್ದು ಸರಿಯಾಗಿತ್ತು. 25 ಫ್ರೇಮ್‌ನ ಕ್ಲಿಪ್ಪನ್ನು 20%ಗೆ ಇಳಿಸಿದರೆ, ಪ್ರತಿ ಒಂದು ನಿಜವಾದ ಫ್ರೇಮ್‌ಗೆ ನಾಲ್ಕು ಹೊಸ ಫ್ರೇಮ್ ಬೇಕಾಗುತ್ತದೆ. Frame Blend ಹೊಸ ಚಿತ್ರವನ್ನೇನೂ ಬರೆಯುವುದಿಲ್ಲ. ಹಿಂದಿನ ಫ್ರೇಮ್ ಮತ್ತು ಮುಂದಿನ ಫ್ರೇಮನ್ನು ಒಂದರ ಮೇಲೊಂದು ಮಸುಕಾಗಿ ಇಡುತ್ತದೆ, ಅಷ್ಟೇ. ನೀರಿನ ಹನಿ ಆ ಎರಡು ಫ್ರೇಮ್‌ಗಳ ನಡುವೆ ಒಂದು ಗೇಣು ಸರಿದಿದ್ದರೆ, ಒಂದೇ ಹನಿ ಎರಡು ಕಡೆ ಅರ್ಧರ್ಧ ಕಾಣುತ್ತದೆ. ಸಾವಿರ ಹನಿಗೂ ಹಾಗೇ ಆದಾಗ ಅದು ಹೊಗೆಯೇ.

ಆಮೇಲೆ Optical Flow ಹಾಕಿ ನೋಡಿದೆ. ಇದು ಯಾವ ಚುಕ್ಕೆ ಎಲ್ಲಿಗೆ ಹೋಯಿತು ಅಂತ ಊಹಿಸಿ ಮಧ್ಯದ ಚಿತ್ರ ಕಟ್ಟುತ್ತದೆ. ನಿಧಾನಕ್ಕೆ ನಡೆದು ಬರುವ ಮದುಮಗಳ ಶಾಟ್‌ಗೆ ಚೆನ್ನಾಗಿ ಕೆಲಸ ಮಾಡುತ್ತದೆ. ನೀರಿಗೆ ಆಗುವುದಿಲ್ಲ. ಚಿಮ್ಮುವ ನೀರಿನಲ್ಲಿ ಈ ಫ್ರೇಮ್‌ನ ಹನಿ ಮುಂದಿನ ಫ್ರೇಮ್‌ನಲ್ಲಿ ಯಾವುದು ಅಂತ ಗುರುತಿಸಲು ಅದಕ್ಕೆ ದಾರಿಯೇ ಇಲ್ಲ. ನನ್ನ ಕ್ಲಿಪ್‌ನಲ್ಲಿ ನಿಶಾನೆಯ ಬಟ್ಟೆಯ ಅಂಚು ನೀರಿನ ಜೊತೆ ಅಂಟಿಕೊಂಡು ಬಾಗಿತು. ಕೋಣದ ಮುಂಗಾಲು ಬೆಣ್ಣೆಯಂತೆ ಕರಗಿತು. ಕ್ಲಿಪ್ ಓಡುವಾಗ ನೋಡಿದರೆ ಏನೋ ಸರಿ ಇಲ್ಲ ಅಂತ ಮಾತ್ರ ಅನ್ನಿಸುತ್ತದೆ. ಬಾಣದ ಕೀಲಿ ಒತ್ತಿ ಒಂದೊಂದೇ ಫ್ರೇಮ್ ನೋಡಿದರೆ ಎಲ್ಲಿ ಕೆಟ್ಟಿದೆ ಅಂತ ಗೊತ್ತಾಗುತ್ತದೆ. ನಾನು ಯಾವಾಗಲೂ ಗಟ್ಟಿ ಅಂಚಿರುವ ವಸ್ತುವನ್ನು ನೋಡುತ್ತೇನೆ. ಹಗ್ಗ, ಕಂಬ, ಬಟ್ಟೆಯ ತುದಿ. ತಪ್ಪು ಮೊದಲು ಅಲ್ಲೇ ಸಿಗುತ್ತದೆ.

ಮುಂದಿನ ಸಲ 100 ಫ್ರೇಮ್‌ನಲ್ಲಿ ಶೂಟ್ ಮಾಡಿದೆ. ಶಟರ್ 1/200. ಹಗಲು ಬಿಸಿಲಿಗೆ ಲೆನ್ಸ್ ಮುಂದೆ ಬೆಳಕು ತಗ್ಗಿಸುವ ಎನ್‌ಡಿ ಫಿಲ್ಟರ್ ಬೇಕೇ ಬೇಕಾಯಿತು. ಟೈಮ್‌ಲೈನ್ ಮಾತ್ರ 25 ಫ್ರೇಮ್‌ದೇ. ಎಡಿಟಿಂಗ್‌ಗೆ ನಾನು ಬಳಸುವುದು DaVinci Resolve. ಅದರಲ್ಲಿ 100 ಫ್ರೇಮ್‌ನ ಕ್ಲಿಪ್ಪನ್ನು ಹಾಗೇ ತಂದು ಹಾಕಿದರೆ, 100% ಅಂದರೆ ನಿಜ ಜೀವನದ ವೇಗ. ಆಗ ನಾಲ್ಕರಲ್ಲಿ ಒಂದು ಫ್ರೇಮ್ ಮಾತ್ರ ತೋರಿಸಿ ಉಳಿದ ಮೂರನ್ನು ಬಿಡುತ್ತದೆ. 25%ಗೆ ಇಳಿಸಿದರೆ ಒಂದೂ ಬಿಡದೆ ಎಲ್ಲವನ್ನೂ ತೋರಿಸುತ್ತದೆ. ಊಹೆಯೂ ಬೇಡ, ಬೆರಕೆಯೂ ಬೇಡ.

ಇಲ್ಲಿ ಒಂದು ಸಣ್ಣ ಲೆಕ್ಕವಿದೆ. ಇದು ಗೊತ್ತಾದ ಮೇಲೆ ನನ್ನ ಕೆಲಸ ಅರ್ಧ ಸುಲಭವಾಯಿತು. 100ನ್ನು 25ರಿಂದ ಭಾಗಿಸಿದರೆ 4. ಆ ನಾಲ್ಕನ್ನು ವೇಗದಿಂದ ಗುಣಿಸಿ. 50% ಆದರೆ 2 ಬರುತ್ತದೆ. ಅಂದರೆ ಪ್ರತಿ ಸಲ ಎರಡೆರಡು ಫ್ರೇಮ್ ಮುಂದಕ್ಕೆ, ಸಮವಾದ ಹೆಜ್ಜೆ. 75% ಆದರೆ 3. ಅದೂ ಸಮವಾದ ಹೆಜ್ಜೆಯೇ. ಆದರೆ 40% ಇಟ್ಟರೆ 1.6. ಅರ್ಧಂಬರ್ಧ ಫ್ರೇಮ್ ಇಲ್ಲವಲ್ಲ, ಹಾಗಾಗಿ ಒಮ್ಮೆ ಎರಡು, ಒಮ್ಮೆ ಒಂದು, ಮತ್ತೆ ಎರಡು ಅಂತ ಕುಂಟುತ್ತಾ ಹೋಗುತ್ತದೆ. “100 ಫ್ರೇಮ್‌ನಲ್ಲಿ ತೆಗೆದರೂ ಯಾಕೆ ಜರ್ಕ್ ಹೊಡೀತದೆ” ಅಂತ ಕೇಳುವವರ ಕ್ಲಿಪ್ ತೆಗೆದು ನೋಡಿದರೆ ಬಹಳ ಸಲ ಇದೇ ಇರುತ್ತದೆ. ಹಾಗಾಗಿ ವೇಗ ಒಂದೇ ಇರುವ ಜಾಗದಲ್ಲಿ ನಾನು 25, 50, 75, 100, 200 ಬಿಟ್ಟು ಬೇರೆ ಅಂಕೆ ಇಡುವುದಿಲ್ಲ.

ಈಗ ಆ ಕ್ಲಿಪ್‌ಗೆ ಬರುತ್ತೇನೆ. ಒಟ್ಟು 12 ಸೆಕೆಂಡ್. ಕೋಣಗಳು ದೂರದಿಂದ ಬರುತ್ತವೆ. 8ನೇ ಸೆಕೆಂಡಿಗೆ ಸರಿಯಾಗಿ ನೀರು ನಿಶಾನೆಗೆ ತಾಗುತ್ತದೆ. ದೂರದ ಓಟ 200%ರಲ್ಲಿ ಸರಸರ ಬರಬೇಕು, ನೀರು ಏಳುವಾಗ 25%ಗೆ ಇಳಿಯಬೇಕು, ಆಮೇಲೆ ಮಾಮೂಲಿ ವೇಗಕ್ಕೆ ಬರಬೇಕು. ಇದು ನನ್ನ ಯೋಚನೆ.

ಕ್ಲಿಪ್ ಆರಿಸಿ Ctrl+R ಒತ್ತಿದರೆ ವೇಗದ ಪಟ್ಟಿ ಕಾಣುತ್ತದೆ. ಬೇಕಾದ ಜಾಗದಲ್ಲಿ Add Speed Point ಕೊಟ್ಟು ಕ್ಲಿಪ್ಪನ್ನು ಭಾಗ ಮಾಡಬೇಕು. ನಾನು ಮೊದಲು ಪಾಯಿಂಟನ್ನು ಸೀದಾ 8ನೇ ಸೆಕೆಂಡಿನಲ್ಲೇ ಇಟ್ಟೆ. ಅದು ತಪ್ಪಾಯಿತು. ವೇಗ ಇಳಿದು ಮುಗಿಯುವಷ್ಟರಲ್ಲಿ ನೀರು ಬಟ್ಟೆಗೆ ತಾಗಿ ಕೆಳಗೂ ಬಂದಾಗಿತ್ತು. ಇಳಿಕೆ ಘಟನೆಗೆ ಮುಂಚೆಯೇ ಪೂರ್ತಿ ಮುಗಿದಿರಬೇಕು. ಆದ್ದರಿಂದ 7.2ರಿಂದ ಇಳಿಸಲು ಶುರು ಮಾಡಿ 7.8ಕ್ಕೆ 25% ತಲುಪುವಂತೆ ಮಾಡಿದೆ. ಆಗ ನೀರು ತಾಗುವ ಮುಂಚೆ 20 ಫ್ರೇಮ್ ಸಿಗುತ್ತದೆ. ತೆರೆಯ ಮೇಲೆ ಅದು 0.8 ಸೆಕೆಂಡ್. ನೀರು ಏಳುವುದನ್ನು ಕಣ್ಣು ಹಿಂಬಾಲಿಸಲು ಅಷ್ಟು ಬೇಕು. 25% ಭಾಗ 8.4ರ ತನಕ ಇದೆ. 60 ನಿಜವಾದ ಫ್ರೇಮ್, ತೆರೆಯಲ್ಲಿ 2.4 ಸೆಕೆಂಡ್.

ಸುಮ್ನೆ ಪಾಯಿಂಟ್ ಇಟ್ಟರೆ ವೇಗ ಮೆಟ್ಟಿಲು ಇಳಿದಂತೆ ಧಡಕ್ಕನೆ ಬದಲಾಗುತ್ತದೆ. ಅದನ್ನು ಇಳಿಜಾರು ಮಾಡಲು ಕ್ಲಿಪ್ ಮೇಲೆ ರೈಟ್ ಕ್ಲಿಕ್ ಮಾಡಿ Retime Curve ತೆಗೆಯಬೇಕು. ಅದರಲ್ಲಿ Retime Speed ಗೆರೆಯನ್ನು ತೋರಿಸುವಂತೆ ಮಾಡಿ, ಪಾಯಿಂಟ್ ಆರಿಸಿ, ಮೇಲಿರುವ ಬಾಗಿದ ಗೆರೆಯ ಗುಂಡಿ ಒತ್ತಬೇಕು. ಆಗ ಎರಡು ಕಡೆ ಹಿಡಿ ಬರುತ್ತವೆ. ಅವನ್ನು ಎಳೆದಷ್ಟೂ ಇಳಿಜಾರು ಉದ್ದವಾಗುತ್ತದೆ. ಇಳಿಯುವುದಕ್ಕೆ ನಾನು ತೆರೆಯ ಮೇಲೆ ಅರ್ಧ ಸೆಕೆಂಡಿನಷ್ಟೇ ಕೊಡುತ್ತೇನೆ. ಏರುವುದಕ್ಕೆ ಅದರ ಎರಡರಷ್ಟು. ಇಳಿಯುವಾಗ ಚುರುಕಾಗಿದ್ದರೆ ನೋಡುವವರು ಉಸಿರು ಹಿಡಿಯುತ್ತಾರೆ. ಏರುವಾಗ ಚುರುಕಾದರೆ ಆ ಕ್ಷಣವನ್ನು ಕೈಯಿಂದ ಕಿತ್ತುಕೊಂಡಂತೆ ಆಗುತ್ತದೆ. ಹಿಡಿ ಎಳೆಯುವಾಗ ಒಂದು ಎಚ್ಚರ ಬೇಕು. ಗೆರೆ 25%ಗಿಂತ ಕೆಳಗೆ ಜೋತು ಬಿದ್ದರೆ ಅಲ್ಲಿ ಫ್ರೇಮ್ ಸಾಲದೆ ಒಂದೇ ಚಿತ್ರ ಎರಡು ಸಲ ಬರುತ್ತದೆ. ಒಂದು ಚಣ ನಿಂತು ಹೋದಂತೆ ಕಾಣುತ್ತದೆ.

ಈ ಇಳಿಜಾರುಗಳಲ್ಲೇ Frame Blend ತನ್ನ ಬೆಲೆ ತೋರಿಸುವುದು. 200ರಿಂದ 25ಕ್ಕೆ ಇಳಿಯುವಾಗ ವೇಗ ಎಲ್ಲ ಅಡ್ಡಾದಿಡ್ಡಿ ಅಂಕೆಗಳ ಮೂಲಕ ಹಾಯ್ದು ಬರುತ್ತದೆ. ಸಮ ಹೆಜ್ಜೆ ಅಲ್ಲಿ ಸಾಧ್ಯವೇ ಇಲ್ಲ. ಪಕ್ಕಪಕ್ಕದ ಫ್ರೇಮ್ ಬೆರೆಸಿದರೆ ಕುಂಟುವುದು ಕಡಿಮೆಯಾಗುತ್ತದೆ. 100 ಫ್ರೇಮ್‌ನ ಕ್ಲಿಪ್‌ನಲ್ಲಿ ಎರಡು ಫ್ರೇಮ್‌ಗಳ ನಡುವೆ ಚಿತ್ರ ಸರಿಯುವುದೂ ಕಡಿಮೆ, ಹಾಗಾಗಿ ಎರಡೆರಡಾಗಿ ಕಾಣುವುದಿಲ್ಲ.

ಆದರೆ ಇಡೀ ಕ್ಲಿಪ್‌ಗೆ Frame Blend ಹಾಕಿ ಬಿಟ್ಟಾಗ 25% ಭಾಗ ಸ್ವಲ್ಪ ಮಂಕಾಗಿತ್ತು. ಕಾರಣ ಸಿಗಲು ನನಗೆ ಎರಡು ದಿನ ಬೇಕಾಯಿತು. ಇಳಿಜಾರು ಮುಗಿಯುವ ಜಾಗ ಒಂದು ಫ್ರೇಮ್ ಮೇಲೆ ಸರಿಯಾಗಿ ಬೀಳದೆ ಎರಡರ ಮಧ್ಯೆ ಬಿದ್ದಿದೆ ಅಂದುಕೊಳ್ಳಿ. ಆಮೇಲೆ ಒಂದೊಂದೇ ಹೆಜ್ಜೆ ಇಟ್ಟರೂ ಪ್ರತಿ ಸಲ ಮಧ್ಯದಲ್ಲೇ ಬೀಳುತ್ತದೆ. ಅಂದರೆ ಆ 60 ಫ್ರೇಮ್‌ಗಳಲ್ಲಿ ಒಂದೂ ಅಪ್ಪಟ ಅಲ್ಲ, ಎಲ್ಲವೂ ಎರಡರ ಬೆರಕೆ! ಈಗ ನಾನು ಇಳಿಜಾರಿನ ಕೊನೆಯಲ್ಲೂ ಏರುವ ಶುರುವಿನಲ್ಲೂ ಕ್ಲಿಪ್ಪನ್ನು ಬ್ಲೇಡ್‌ನಿಂದ ಕತ್ತರಿಸುತ್ತೇನೆ. ಫ್ರೇಮ್ ಬೆರೆಸಬೇಕೋ ಬೇಡವೋ ಅಂತ ಹೇಳುವ Retime Processನ್ನು ತುಂಡು ತುಂಡಿಗೆ ಬೇರೆ ಬೇರೆ ಇಡಬಹುದು. ಇಳಿಜಾರುಗಳಿಗೆ Frame Blend, ನಡುವಿನ ನಿಧಾನದ ಭಾಗಕ್ಕೆ, ಬೆರೆಸದೆ ಹತ್ತಿರದ ಒಂದೇ ಫ್ರೇಮ್ ತೋರಿಸುವ Nearest. ನೀರಿನ ಹನಿಗಳು ಮುತ್ತು ಬಿಡಿಸಿದಂತೆ ಬಿಡಿಬಿಡಿಯಾಗಿ ಕಂಡವು.

200%ರ ಭಾಗಕ್ಕೆ ತೊಂದರೆ ಬೇರೆಯೇ. ಅಲ್ಲಿ ಎಂಟಕ್ಕೆ ಒಂದು ಫ್ರೇಮ್ ಮಾತ್ರ ಉಳಿಯುತ್ತದೆ. ಶಟರ್ 1/200 ಇದ್ದ ಕಾರಣ ಆ ಒಂದೊಂದು ಫ್ರೇಮೂ ಚೂಪಾಗಿದೆ. ಚೂಪಾದ ಚಿತ್ರಗಳು ದೊಡ್ಡ ದೊಡ್ಡ ಹಾರುಹೆಜ್ಜೆ ಇಟ್ಟರೆ ಕಣ್ಣಿಗೆ ಚುಚ್ಚುತ್ತದೆ, ಕೋಣದ ಕಾಲು ಪಟಪಟ ಅಂತ ಮಿಟುಕಿದಂತೆ ಕಾಣುತ್ತದೆ. ಎಸೆಯುವ ಫ್ರೇಮ್‌ಗಳನ್ನು ಬೆರೆಸಿದರೆ ಓಟದ ಮಸುಕು ತಾನಾಗಿ ಬರುತ್ತದೆ. ಇದಕ್ಕೆ ನಾನು, ಆದೇಶದ ಸಾಲು ಬರೆದು ವಿಡಿಯೋ ಬದಲಿಸುವ ffmpeg ಬಳಸಿ ಆ 7.2 ಸೆಕೆಂಡನ್ನು ಪ್ರತ್ಯೇಕ ಫೈಲ್ ಮಾಡಿಕೊಂಡೆ.

```
ffmpeg -t 7.2 -i kambala.mov -vf "tmix=frames=4,select='not(mod(n,8))',setpts=N/25/TB" -r 25 -an -c:v prores_ks -profile:v 3 ota.mov
```

`tmix=frames=4` ನಾಲ್ಕು ಫ್ರೇಮ್ ಬೆರೆಸುತ್ತದೆ. `select` ಎಂಟಕ್ಕೆ ಒಂದನ್ನು ಇಟ್ಟುಕೊಳ್ಳುತ್ತದೆ. 720 ಫ್ರೇಮ್ ಹೋಗಿ 90 ಆಗುತ್ತದೆ, ಅಂದರೆ 3.6 ಸೆಕೆಂಡ್. ಎಂಟನ್ನೂ ಬೆರೆಸಿ ನೋಡಿದ್ದೇನೆ. ಮಸುಕು ಜಾಸ್ತಿಯಾಗಿ ಕೋಣ ಯಾವುದು ಕೆಸರು ಯಾವುದು ಗೊತ್ತಾಗಲಿಲ್ಲ. ನಾಲ್ಕು ಸಾಕು. ಒಂದು ಮಿತಿ ಇದರಲ್ಲಿದೆ. 1/200 ಶಟರ್‌ನಲ್ಲಿ ಒಂದು ಫ್ರೇಮ್‌ಗೂ ಇನ್ನೊಂದಕ್ಕೂ ನಡುವೆ ಖಾಲಿ ಸಮಯ ಉಳಿಯುತ್ತದೆ. ಬೆರೆಸಿದಾಗ ಕಾಲಿನ ಅಂಚಿನಲ್ಲಿ ಸಣ್ಣ ಗೆರೆಗೆರೆ ಬರುತ್ತದೆ. 1/100 ಇಟ್ಟು ತೆಗೆದರೆ ಮಸುಕು ಒಂದಕ್ಕೊಂದು ಕೂಡಿಕೊಳ್ಳುತ್ತದೆ, ಆದರೆ ನಿಧಾನದ ಭಾಗದಲ್ಲಿ ಹನಿ ಅಷ್ಟು ಚೂಪಾಗಿ ಬರುವುದಿಲ್ಲ. ಒಂದೇ ಕ್ಲಿಪ್‌ನಲ್ಲಿ ಎರಡೂ ಬೇಕಾದರೆ ಹಗಲಿಗೆ ನನ್ನ ಆಯ್ಕೆ 1/200. ನನಗೆ ಹನಿಯೇ ಮುಖ್ಯ.

ರಾತ್ರಿ ಮಾತ್ರ 1/100. ನಮ್ಮ ಕರೆಂಟು 50 ಹರ್ಟ್ಸ್, ಹಾಗಾಗಿ ಅದರಿಂದ ಉರಿಯುವ ಹಲವು ದೀಪಗಳು ಸೆಕೆಂಡಿಗೆ 100 ಸಲ ಹೆಚ್ಚುಕಡಿಮೆ ಆಗುತ್ತವೆ. ಬರಿಗಣ್ಣಿಗೆ ಕಾಣದ ಆ ಮಿಣುಕು ನಿಧಾನ ಮಾಡಿದಾಗ ಎದ್ದು ಬರುತ್ತದೆ. 100 ಫ್ರೇಮ್, 1/100 ಶಟರ್ ಇದ್ದರೆ ಪ್ರತಿ ಫ್ರೇಮ್‌ಗೂ ಒಂದು ಪೂರ್ತಿ ಸುತ್ತಿನ ಬೆಳಕು ಸಿಗುತ್ತದೆ. ಫೋನ್‌ನಲ್ಲಿ 120 ಇಟ್ಟು ತೆಗೆದ ಗೆಳೆಯನ ಕ್ಲಿಪ್ ಪೂರ್ತಿ ಮಿಣುಕುತ್ತಿತ್ತು. ಮೊದಲೇ ಹತ್ತು ಸೆಕೆಂಡ್ ತೆಗೆದು, ಕ್ಯಾಮೆರಾದಲ್ಲೇ ನಿಧಾನಕ್ಕೆ ಓಡಿಸಿ ನೋಡಿಕೊಳ್ಳಿ.

ಶಬ್ದವನ್ನು ನಾನು ಕ್ಲಿಪ್‌ನಿಂದ ಬಿಡಿಸಿ ಮಾಮೂಲಿ ವೇಗದಲ್ಲೇ ಇಡುತ್ತೇನೆ. ಜನರ ಕೂಗು 25%ಗೆ ಇಳಿದರೆ ಗುಂಯ್‌ಗುಡುತ್ತದೆ.

ಹೊಸ ವಿಡಿಯೋವನ್ನು ಅದೇ ಯಜಮಾನರಿಗೆ ತೋರಿಸಿದೆ. ನೀರು ತಾಗುವಲ್ಲಿ “ನಿಲ್ಲಿಸಿ, ನಿಲ್ಲಿಸಿ” ಅಂದರು. ನಿಲ್ಲಿಸಿದೆ. ಬಟ್ಟೆಯ ಕೆಳ ಅಂಚು ಒದ್ದೆಯಾಗಿ ಕಪ್ಪಾಗುತ್ತಿರುವುದು, ಅದರ ಮೇಲಿಂದ ಮೂರು ನಾಲ್ಕು ಹನಿ ದಾಟಿ ಹೋಗಿರುವುದು ಸ್ಪಷ್ಟವಾಗಿ ಕಾಣುತ್ತಿತ್ತು. “ಇದರದ್ದೊಂದು ಫೋಟೋ ಆಗ್ತದಾ?” ಅಂತ ಕೇಳಿದರು. ಆ ಭಾಗ Nearestನಲ್ಲಿ ಇದ್ದುದರಿಂದ ಅದು ಬೆರಕೆ ಇಲ್ಲದ ಒಂದೇ ಫ್ರೇಮ್. ಅದನ್ನೇ ತೆಗೆದು ಪ್ರಿಂಟ್ ಹಾಕಿಸಿ ಕೊಟ್ಟೆ. ಈಗ ಅವರ ಮನೆಯ ಚಾವಡಿಯಲ್ಲಿದೆ.