ಶುಭ ಶುಕ್ರವಾರಕ್ಕೆ ಶುಭಾಶಯ ಹೇಳಿದ ಮೇಲೆ

2024ರ ಮಾರ್ಚ್ 29, ಶುಕ್ರವಾರ. ಕ್ಯಾಲೆಂಡರಿನಲ್ಲಿ ಆ ದಿನದ ಅಂಕಿ ಕೆಂಪಗಿತ್ತು, ಕೆಳಗೆ ಗುಡ್ ಫ್ರೈಡೇ ಅಂತ ಬರೆದಿತ್ತು. ಪಕ್ಕದ ಮನೆಯ ಆಂಟಿ ಕ್ಯಾಥೊಲಿಕ್ ಕ್ರೈಸ್ತರು. ನಾವು ಚಿಕ್ಕಮಗಳೂರಿನ ಈ ಬೀದಿಗೆ ಬಂದು ಆಗಿನ್ನೂ ಎಂಟು ತಿಂಗಳು. ಬೆಳಗ್ಗೆಯೇ ಅವರ ಫೋನಿಗೆ ಹೂವಿನ ಚಿತ್ರದ ಜೊತೆ ‘ಶುಭ ಶುಕ್ರವಾರದ ಹಾರ್ದಿಕ ಶುಭಾಶಯಗಳು’ ಅಂತ ಕಳಿಸಿದೆ. ಆಮೇಲೆ ಒಂದು ಡಬ್ಬಿ ಕೇಸರಿಬಾತ್ ಮಾಡಿಕೊಂಡು ಹೋಗಿ ಬಾಗಿಲು ತಟ್ಟಿದೆ.

ಆಂಟಿ ಬಿಳಿ ಸೀರೆ ಉಟ್ಟಿದ್ದರು. ಒಳಗೆ ಟಿವಿ ಸದ್ದಿಲ್ಲ, ಒಗ್ಗರಣೆ ವಾಸನೆಯೂ ಇಲ್ಲ. ಡಬ್ಬಿ ತಗೊಂಡರು, ‘ತುಂಬಾ ಸಂತೋಷ ಕಣಮ್ಮ’ ಅಂದರು. ‘ಇವತ್ತು ನಮಗೆ ಉಪವಾಸ, ಮಧ್ಯಾಹ್ನ ಗಂಜಿ ಅಷ್ಟೆ. ಇದನ್ನ ನಾಳಿದ್ದು ತಿಂತೀವಿ.’ ಬೈಯಲಿಲ್ಲ, ಮುಖ ಸಿಂಡರಿಸಲೂ ಇಲ್ಲ. ಆದರೂ ನಾನು ಸಾವಿನ ಮನೆಗೆ ಸಿಹಿ ತಂದೆ ಅನ್ನೋದು ಅವರ ಮನೆಯ ಮೌನದಿಂದಲೇ ಗೊತ್ತಾಯಿತು. ಯೇಸು ಶಿಲುಬೆಯ ಮೇಲೆ ಪ್ರಾಣ ಬಿಟ್ಟ ದಿನ ಅದು.

ತಪ್ಪಾಗಿದ್ದು ಎಲ್ಲಿ ಅಂತ ಆಮೇಲೆ ಯೋಚಿಸಿದೆ. ಮೊದಲನೆಯದು ಹೆಸರು. ಗುಡ್ ಅನ್ನೋ ಮಾತಿಗೆ ಇಂಗ್ಲಿಷಿನಲ್ಲಿ ಹಿಂದೆ ಪವಿತ್ರ ಅನ್ನೋ ಅರ್ಥವೂ ಇತ್ತು. ಕನ್ನಡದಲ್ಲಿ ಅದು ‘ಶುಭ’ ಆಯಿತು. ಇಲ್ಲಿನ ಕ್ರೈಸ್ತರೂ ಶುಭ ಶುಕ್ರವಾರ ಅಂತಲೇ ಹೇಳುತ್ತಾರೆ, ಅವರಿಗೆ ಅದರ ಒಳಗಿರುವ ದುಃಖ ಗೊತ್ತು. ಹೊರಗಿನವರ ಬಾಯಿಗೆ ಮಾತ್ರ ಶುಭ ಅಂದ ತಕ್ಷಣ ಶುಭಾಶಯ ಬಂದುಬಿಡುತ್ತದೆ. ಎರಡನೆಯದು ಕ್ಯಾಲೆಂಡರಿನ ಕೆಂಪು ಬಣ್ಣ. ರಜೆ ಇದ್ದರೆ ಸಂಭ್ರಮ ಅಂತ ನಾವು ಅಂದುಕೊಳ್ಳುತ್ತೇವೆ, ಅಲ್ವಾ? ಮೊಹರಂಗೂ ಹಾಗೇ. ಎಷ್ಟೋ ಹಳ್ಳಿಗಳಲ್ಲಿ ಅದು ಎಲ್ಲರೂ ಸೇರುವ ಬಾಬಯ್ಯನ ಹಬ್ಬ, ಶಿಯಾ ಮುಸ್ಲಿಮರ ಮನೆಯಲ್ಲಿ ಅದು ಶೋಕದ ದಿನ. ಕೆಂಪು ಅಂಕಿ ನೋಡಿ ಈ ವ್ಯತ್ಯಾಸ ತಿಳಿಯುವುದಿಲ್ಲ. ಆ ಮನೆಯವರನ್ನೇ ಕೇಳಬೇಕು.

ಮುಂದಿನ ವರ್ಷ ಕೇಳಿಯೇ ಮಾಡಬೇಕು ಅಂತ ಅವತ್ತೇ ತೀರ್ಮಾನಿಸಿದೆ.

2025ರ ಯುಗಾದಿ ಮಾರ್ಚ್ 30ಕ್ಕೆ ಬಂತು. ಅವತ್ತು ಹೋಳಿಗೆ ಕೊಡಲು ಹೋದಾಗ ಆಂಟಿ ನಮ್ಮ ಮನೆಗೂ ಬಂದು ಕೂತರು. ನಾನು ಕಾಫಿ ತಂದರೆ ಬೇಡ ಅಂದರು. ಅದಕ್ಕೂ ಹತ್ತು ದಿನ ಮುಂಚೆ ಹಾಗೇ ಬೇಡ ಅಂದಿದ್ದರು. ಕಾಫಿ ತೋಟದ ಮನೆಯವರು, ದಿನಕ್ಕೆ ನಾಲ್ಕು ಲೋಟ ಕುಡಿಯುವವರು. ಹಿಂದಿನ ವರ್ಷದ್ದು ಇನ್ನೂ ಮನಸ್ಸಿನಲ್ಲಿದೆಯೇನೋ ಅಂತ ನನಗೆ ಸಂಕಟವಾಯಿತು. ತಡೆಯಲಾಗದೆ ಕೇಳಿಯೇಬಿಟ್ಟೆ. ‘ಅಯ್ಯೋ, ಅದಲ್ಲ ಮಗಾ. ತಪಸ್ಸು ಕಾಲ ಅಲ್ವಾ, ಈಸ್ಟರ್ ತನಕ ಕಾಫಿ ಬಿಟ್ಟಿದ್ದೀನಿ’ ಅಂದರು.

ಹಣೆಗೆ ಬೂದಿ ಹಚ್ಚಿಸಿಕೊಳ್ಳುವ ಬೂದಿ ಬುಧವಾರದಿಂದ ಈಸ್ಟರ್‌ವರೆಗಿನ ನಲವತ್ತು ದಿನದ ವ್ರತವನ್ನು ತಪಸ್ಸು ಕಾಲ ಅನ್ನುತ್ತಾರೆ. ಆ ವರ್ಷ ಮಾರ್ಚ್ 5ಕ್ಕೆ ಶುರುವಾಗಿತ್ತು. ನಡುವಿನ ಭಾನುವಾರಗಳನ್ನು ಆ ನಲವತ್ತರ ಲೆಕ್ಕಕ್ಕೆ ಸೇರಿಸುವುದಿಲ್ಲ, ಹಾಗಾಗಿ ಕ್ಯಾಲೆಂಡರಿನಲ್ಲಿ ಎಣಿಸಿದರೆ ಜಾಸ್ತಿ ಬರುತ್ತದೆ. ಆ ದಿನಗಳಲ್ಲಿ ಒಬ್ಬೊಬ್ಬರು ಒಂದೊಂದು ಬಿಡುತ್ತಾರೆ. ಮಾಂಸ ಬಿಡುವವರಿದ್ದಾರೆ, ಸಿಹಿ ಬಿಡುವವರಿದ್ದಾರೆ. ಆಂಟಿ ತಮಗೆ ಅತಿ ಇಷ್ಟವಾದದ್ದನ್ನೇ ಬಿಟ್ಟಿದ್ದರು, ಭಾನುವಾರವೂ ಸೇರಿ. ನಾನು ಅದನ್ನು ಮುನಿಸು ಅಂದುಕೊಂಡಿದ್ದೆ. ಅಂದಿನಿಂದ ಮಾರ್ಚ್, ಏಪ್ರಿಲ್‌ನಲ್ಲಿ ಅವರು ಬಂದರೆ ‘ಏನು ಕೊಡಲಿ ಆಂಟಿ?’ ಅಂತ ಮೊದಲು ಕೇಳುತ್ತೇನೆ, ಒತ್ತಾಯ ಮಾಡುವುದಿಲ್ಲ.

ಏಪ್ರಿಲ್ 13ರ ಭಾನುವಾರ ಅವರ ಬಾಗಿಲಲ್ಲಿ ಎಳೆ ತೆಂಗಿನ ಗರಿಯಲ್ಲಿ ಹೆಣೆದ ಪುಟ್ಟ ಶಿಲುಬೆ ಕಂಡಿತು. ಬೆರಳುದ್ದ ಇರಬಹುದು, ಇನ್ನೂ ಹಳದಿ ಮಾಸಿರಲಿಲ್ಲ. ಅದು ಗರಿಗಳ ಭಾನುವಾರ. ಚರ್ಚಿನಲ್ಲಿ ಆಶೀರ್ವದಿಸಿ ಕೊಟ್ಟ ಗರಿಯನ್ನು ಮನೆಗೆ ತಂದು ಬಾಗಿಲಿಗೋ ದೇವರ ಪಟದ ಹಿಂದೆಯೋ ಸಿಕ್ಕಿಸುತ್ತಾರೆ. ಮುಂದಿನ ವರ್ಷ ಆ ಒಣಗರಿಗಳನ್ನೇ ಸುಟ್ಟು ಬೂದಿ ಬುಧವಾರದ ಬೂದಿ ಮಾಡುತ್ತಾರೆ. ಈಸ್ಟರ್ ಪ್ರತಿ ವರ್ಷ ಜಾಗ ಬದಲಿಸುವ ಹಬ್ಬ. ಮಾರ್ಚ್ 21ರಂದು ಅಥವಾ ಅದರ ನಂತರ ಬರುವ ಮೊದಲ ಹುಣ್ಣಿಮೆ ಕಳೆದ ಮೇಲಿನ ಭಾನುವಾರ ಅನ್ನೋದು ಅದರ ಲೆಕ್ಕ. ನನ್ನಂಥವರಿಗೆ ಆ ಲೆಕ್ಕಕ್ಕಿಂತ ಬಾಗಿಲಿನ ಹಸಿ ಗರಿಯೇ ಒಳ್ಳೆಯ ಗುರುತು. ಅದು ಕಂಡರೆ ಬರುವ ಶುಕ್ರವಾರ ಶೋಕ, ಅದರಾಚೆಯ ಭಾನುವಾರ ಹಬ್ಬ. ಕೇಳುವುದಿದ್ದರೆ ಆಗಲೇ ಕೇಳಬೇಕು.

ನಾನು ಕೇಳಿದ್ದು ಹೀಗೆ. ‘ಆಂಟಿ, ಶುಕ್ರವಾರ ನಿಮ್ಮ ಮನೇಲಿ ಹೇಗೆ? ಹೋದ ವರ್ಷ ನನಗೆ ಗೊತ್ತಾಗಲಿಲ್ಲ. ನಾನು ಏನು ಮಾಡಬಾರದು, ಹೇಳಿಕೊಡಿ.’ ‘ನಿಮ್ಮ ಧರ್ಮದಲ್ಲಿ ಏನು ಮಾಡ್ತಾರೆ?’ ಅಂತ ಕೇಳಲಿಲ್ಲ. ಹಾಗೆ ಕೇಳಿದರೆ ಅವರು ಪಾಠ ಹೇಳಬೇಕಾಗುತ್ತದೆ, ತಪ್ಪಿಲ್ಲದ ಉತ್ತರ ಕೊಡುವ ಭಾರ ಅವರ ಮೇಲೆ ಬೀಳುತ್ತದೆ. ನಿಮ್ಮ ಮನೆಯಲ್ಲಿ ಹೇಗೆ ಅಂದರೆ ಯಾರು ಬೇಕಾದರೂ ಹೇಳಬಲ್ಲರು. ಆಂಟಿಯೂ ಗೇಟಿನ ಹತ್ತಿರ ನಿಂತೇ ಹೇಳಿದರು. ಶುಕ್ರವಾರ ಒಂದೇ ಹೊತ್ತು ಊಟ, ಗಂಜಿ ಚಟ್ನಿ, ಮಾಂಸ ಮುಟ್ಟುವುದಿಲ್ಲ. ಅವತ್ತು ಚರ್ಚಿನಲ್ಲಿ ಪೂಜೆ ಇರುವುದಿಲ್ಲ, ಗಂಟೆಯೂ ಹೊಡೆಯುವುದಿಲ್ಲ. ಮಧ್ಯಾಹ್ನ ಮೂರರ ಹೊತ್ತಿಗೆ ಪ್ರಾರ್ಥನೆ, ಆಮೇಲೆ ಒಬ್ಬೊಬ್ಬರಾಗಿ ಹೋಗಿ ಶಿಲುಬೆಗೆ ಮುತ್ತಿಡುವುದು. ಸಂತ ಜೋಸೆಫರ ಪ್ರಧಾನಾಲಯಕ್ಕೆ ಅವತ್ತು ಜನ ಜಾಸ್ತಿ, ಮನೆಗೆ ಬರುವಾಗ ಸಂಜೆಯಾಗುತ್ತದೆ.

‘ನಾನು ಏನಾದ್ರೂ ಹೇಳಬೇಕಾ ಅವತ್ತು?’ ಅಂದೆ.

‘ಏನೂ ಬೇಡ ಮಗಾ. ಸುಮ್ನೆ ಇರು. ಭಾನುವಾರ ಹೇಳು.’

ಆ ಮಾತು ಕೇಳಿ ಮನಸ್ಸು ಹಗುರವಾಯಿತು. ಆದರೆ ಅವರ ಟೆರೇಸಿನ ಮೇಲೆ ತೋಟದಿಂದ ತಂದ ಕಾಳುಮೆಣಸು ಒಣಗಲು ಹಾಕಿದ್ದು ನನಗೆ ಗೊತ್ತಿತ್ತು. ‘ಮಧ್ಯಾಹ್ನ ನೀವು ಯಾರೂ ಇರಲ್ಲ ಅಲ್ವಾ, ಮೋಡ ಕಟ್ಟಿದರೆ ಮೆಣಸು ನಾನು ನೋಡ್ಕೋತೀನಿ’ ಅಂದೆ. ಆಂಟಿ ಮೇಲಿನ ಬಾಗಿಲಿನ ಕೀಲಿ ಕೊಟ್ಟರು.

ಏಪ್ರಿಲ್ 18ರ ಶುಕ್ರವಾರ ನಾವು ಮನೆಯಲ್ಲಿ ಮಾಡಿದ್ದು ಚಿಕ್ಕ ಚಿಕ್ಕ ಕೆಲಸ. ರಜೆ ಅಂತ ತಮ್ಮನ ಮಕ್ಕಳು ಬಂದಿದ್ದರು, ಸ್ಪೀಕರಿನಲ್ಲಿ ಹಾಡು ಹಾಕಲು ಹೊರಟರು. ಗೋಡೆಯಾಚೆ ಶೋಕದ ದಿನ ಅಂತ ಹೇಳಿದೆ, ಮಕ್ಕಳು ಕೇಳಿದರು. ಸಿಹಿ ಮಾಡಲಿಲ್ಲ, ಮೆಸೇಜ್ ಕಳಿಸಲಿಲ್ಲ. ಎರಡೂವರೆಗೆ ಅಂಕಲ್ ಆಂಟಿ ಗೇಟು ದಾಟುವಾಗ ಎದುರಾದೆ. ‘ಚರ್ಚಿಗೆ ಹೊರಟ್ರಾ?’ ಅಂದೆ, ‘ಹೂಂ’ ಅಂದರು. ನಾಲ್ಕು ಗಂಟೆಗೆ ಬೆಟ್ಟದ ಕಡೆಯಿಂದ ಕಪ್ಪು ಮೋಡ ಬಂತು. ನಾನೂ ನಮ್ಮ ಯಜಮಾನರೂ ಓಡಿಹೋಗಿ ಮೆಣಸನ್ನು ಟಾರ್ಪಲ್ ಸಮೇತ ನಾಲ್ಕು ಮೂಲೆ ಹಿಡಿದು ನಡುವಿಗೆ ಗುಡ್ಡೆ ಮಾಡಿದೆವು, ಹಾಗೇ ಎಳೆದು ಶೀಟಿನ ಕೆಳಗೆ ಸೇರಿಸಿದೆವು. ಅರ್ಧ ಒಣಗಿದ ಕಾಳು ಇನ್ನೂ ಬಿಸಿಯಾಗಿತ್ತು. ಆ ಹದದಲ್ಲಿ ನೆನೆದರೆ ಬೂಷ್ಟು ಹಿಡಿಯುತ್ತದೆ. ಹತ್ತೇ ನಿಮಿಷಕ್ಕೆ ಮಳೆ ಹೊಯ್ಯಿತು. ಸಂಜೆ ಕೀಲಿ ವಾಪಸ್ ಕೊಡುವಾಗ ಆಂಟಿ ನನ್ನ ಕೈ ಹಿಡಿದುಕೊಂಡರು, ಇಬ್ಬರೂ ಏನೂ ಮಾತಾಡಲಿಲ್ಲ.

ಶನಿವಾರವೂ ಶುಭಾಶಯ ಹೇಳಲಿಲ್ಲ. ಅವತ್ತು ಕತ್ತಲಾದ ಮೇಲೆ ಚರ್ಚಿನ ಹೊರಗೆ ಬೆಂಕಿ ಹಚ್ಚುತ್ತಾರೆ, ಅದರಿಂದ ದೊಡ್ಡ ಮೇಣದಬತ್ತಿ ಬೆಳಗಿಸಿ ಒಳಗೆ ಒಯ್ಯುತ್ತಾರೆ. ಅವರಿಗೆ ಹಬ್ಬ ಶುರುವಾಗುವುದೇ ಆಗ. ಆ ಪೂಜೆ ಮುಗಿಸಿ ಮನೆಗೆ ಬರುವಾಗ ನಡುರಾತ್ರಿ ಹತ್ತಿರವಾಗಿರುತ್ತದೆ. ಭಾನುವಾರ ಏಳು ಗಂಟೆಗೆ ಬೆಲ್ ಮಾಡಿದರೆ ಮಲಗಿದವರನ್ನು ಎಬ್ಬಿಸಿದ ಹಾಗೆ. ನಾನು ಹನ್ನೊಂದಕ್ಕೆ ಹೋದೆ. ಇದು ಕ್ಯಾಥೊಲಿಕ್ ಮನೆಯ ಲೆಕ್ಕ. ನನ್ನ ಜೊತೆ ಕೆಲಸ ಮಾಡುವ ಒಬ್ಬರು ಸಿಎಸ್‌ಐ ಅನ್ನೋ ಪ್ರೊಟೆಸ್ಟಂಟ್ ಸಭೆಯವರು. ಅವರಿಗೆ ಶುಕ್ರವಾರ ಹನ್ನೆರಡರಿಂದ ಮೂರರವರೆಗೆ ಆರಾಧನೆ, ಶಿಲುಬೆಯ ಮೇಲೆ ಯೇಸು ಆಡಿದ ಏಳು ಮಾತುಗಳ ಧ್ಯಾನ. ಈಸ್ಟರ್ ದಿನ ಬೆಳಗಿನ ಜಾವವೇ ಆರಾಧನೆಗೆ ಹೋಗುತ್ತಾರೆ. ಅವರಿಗೆ ಸಂಜೆ ಫೋನ್ ಮಾಡಿದೆ.

ಚಿತ್ರದ ವಿಷಯದಲ್ಲಿ ನನಗೊಂದು ಖಚಿತ ಅಭಿಪ್ರಾಯವಿದೆ. ಈಸ್ಟರ್ ಶುಭಾಶಯಕ್ಕೆ ಶಿಲುಬೆಗೆ ಜಡಿದ ಯೇಸುವಿನ ಚಿತ್ರ ಹಾಕಿ ಕಳಿಸಬೇಡಿ. ನಮ್ಮವರ ಫೋನುಗಳಲ್ಲಿ ಅದು ಪ್ರತಿ ವರ್ಷ ಓಡಾಡುತ್ತದೆ. ಈಸ್ಟರ್ ಅಂದರೆ ಯೇಸು ಸಮಾಧಿಯಿಂದ ಎದ್ದು ಬಂದ ದಿನ. ಚಿತ್ರ ಶುಕ್ರವಾರದ್ದು, ಮಾತು ಭಾನುವಾರದ್ದು ಆಗಿಬಿಡುತ್ತದೆ. ಚಿತ್ರವೇ ಇಲ್ಲದ ಎರಡು ಸಾಲು ಸಾಕು. ನಾನು ಬಾಗಿಲಲ್ಲಿ ನಿಂತು ‘ಈಸ್ಟರ್ ಹಬ್ಬದ ಶುಭಾಶಯ ಆಂಟಿ’ ಅಂದೆ. ಕನ್ನಡ ಕ್ರೈಸ್ತರು ಪಾಸ್ಕ ಹಬ್ಬ ಅಂತಲೂ ಅನ್ನುತ್ತಾರೆ. ಆಂಟಿ ಮನೆಮಾತು ಕೊಂಕಣಿ, ಅವರು ಪಾಸ್ಕಾಂಚೆಂ ಫೆಸ್ತ್ ಅಂದರು. ನಾನು ಹೇಳಿ ನೋಡಿದೆ, ಒಳಗಿಂದ ಅಂಕಲ್ ಚಪ್ಪಾಳೆ ತಟ್ಟಿದರು.

ಈ ಸಲವೂ ಕೇಸರಿಬಾತನ್ನೇ ಒಯ್ದಿದ್ದೆ, ಬೇಕೆಂದೇ. ಅವರ ಮನೆಯಲ್ಲಿ ಅವತ್ತು ಮಾಂಸದ ಅಡುಗೆ. ನಾವು ತಿನ್ನುವುದಿಲ್ಲ ಅಂತ ಹಿಂದಿನ ವಾರವೇ ಹೇಳಿದ್ದೆ. ಮೊಟ್ಟೆಯೂ ಇಲ್ಲ ಅಂತ ಸೇರಿಸಿದ್ದೆ, ಯಾಕಂದರೆ ಕೇಕ್ ಬರುತ್ತದೆ ಅಂತ ಗೊತ್ತಿತ್ತು. ಹಬ್ಬದ ದಿನ ತಟ್ಟೆ ಎದುರಿಗೆ ಬಂದ ಮೇಲೆ ಬೇಡ ಅನ್ನುವುದು ಇಬ್ಬರಿಗೂ ಕಷ್ಟ. ಆಂಟಿ ನಮಗೆಂದೇ ಬಿಸಿ ಸಣ್ಣಾ ಎತ್ತಿಟ್ಟಿದ್ದರು, ಇಡ್ಲಿ ಥರ ಹಬೆಯಲ್ಲಿ ಬೇಯಿಸಿದ ಮೆತ್ತನೆಯ ತಿಂಡಿ. ‘ಅಕ್ಕಿ, ತೆಂಗಿನಕಾಯಿ, ಈಸ್ಟ್. ಬೇರೆ ಪಾತ್ರೆಯಲ್ಲೇ ಮಾಡಿದ್ದು, ನಿಮ್ಮತ್ತೆಗೆ ಹೇಳು’ ಅಂದರು. ನಮ್ಮತ್ತೆ ಎರಡು ತಿಂದರು, ಬೆಲ್ಲ ಕಾಯಿಹಾಲಿನ ಜೊತೆ.

ಸಂಜೆ ಐದಕ್ಕೆ ಆಂಟಿ ಕೇಸರಿಬಾತಿನ ಡಬ್ಬಿ ವಾಪಸ್ ತಂದರು. ಖಾಲಿ ತಂದಿರಲಿಲ್ಲ, ಒಂದು ಹಿಡಿ ಹೊಸ ಕಾಳುಮೆಣಸು ಹಾಕಿದ್ದರು. ಅಡುಗೆಮನೆ ಬಾಗಿಲಿಗೆ ಒರಗಿ ನಿಂತರು.

‘ಏನು ಕೊಡಲಿ ಆಂಟಿ?’

‘ಬೆಳಗ್ಗೆಯಿಂದ ಮೂರು ಲೋಟ ಕುಡಿದಾಯ್ತು ಮಗಾ. ಆದ್ರೂ ನಿಮ್ಮ ಮನೇದು ಒಂದು ಬೇಕು. ಡಿಕಾಕ್ಷನ್ ಜಾಸ್ತಿ ಹಾಕು.’