ಯಂತ್ರವಿಲ್ಲದೆ ಗೊರಕೆ ತಗ್ಗಿಸಲು: ಮೊದಲು ಮಗ್ಗುಲು, ಆಮೇಲೆ ದವಡೆಯ ಸಾಧನ

ಗೊರಕೆಯ ದೂರು ಹೊತ್ತು ದಂತ ಚಿಕಿತ್ಸಾಲಯಕ್ಕೆ ಬರುವವರಲ್ಲಿ ಹೆಚ್ಚಿನವರು ಕೇಳುವುದು ಒಂದೇ ಮಾತು: "ರಾತ್ರಿ ಬಾಯಿಗೆ ಹಾಕಿಕೊಳ್ಳೋ ಆ ಕ್ಲಿಪ್ಪು ನನಗೂ ಮಾಡಿಕೊಡ್ತೀರಾ ಡಾಕ್ಟ್ರೇ?" ಮಾಡಿಕೊಡಬಹುದು. ಆದರೆ ಅಳತೆ ತೆಗೆಯುವ ಮೊದಲು ನಾನು ಅವರನ್ನೂ, ಅವರಿಗಿಂತ ಹೆಚ್ಚಾಗಿ ಅವರ ಜೊತೆಗೆ ಬಂದವರನ್ನೂ ಕೇಳುವ ಪ್ರಶ್ನೆಯೊಂದಿದೆ. ಗೊರಕೆ ಬರುವುದು ಅಂಗಾತ ಮಲಗಿದಾಗ ಮಾತ್ರವೋ, ಮಗ್ಗುಲಾದಾಗಲೂ ಬರುತ್ತದೆಯೋ? ಮುಂದಿನ ದಾರಿ ಯಾವುದೆಂಬುದು ಬಹುಮಟ್ಟಿಗೆ ಈ ಉತ್ತರದಿಂದಲೇ ತೀರ್ಮಾನವಾಗುತ್ತದೆ.

ಕಾರಣ ಸರಳವಾಗಿದೆ. ನಿದ್ದೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲವಾಗುತ್ತವೆ. ಅಂಗಾತ ಮಲಗಿದವರ ಕೆಳದವಡೆಯೂ ಅದಕ್ಕೆ ಅಂಟಿಕೊಂಡಿರುವ ನಾಲಿಗೆಯ ಬುಡವೂ ತಮ್ಮ ಭಾರಕ್ಕೆ ಹಿಂದೆ ಜಾರಿ, ಉಸಿರು ಹಾದುಹೋಗುವ ಓಣಿಯನ್ನು ಕಿರಿದಾಗಿಸುತ್ತವೆ. ಆ ಕಿರಿದಾದ ಜಾಗದಲ್ಲಿ ಗಾಳಿ ರಭಸದಿಂದ ನುಗ್ಗುವಾಗ ಮೃದು ಅಂಗುಳ ಮತ್ತು ಕಿರುನಾಲಿಗೆ ಅದುರಿ ಸದ್ದು ಹೊರಡುತ್ತದೆ, ಅದೇ ಗೊರಕೆ. ಮಗ್ಗುಲಾಗಿ ಮಲಗಿದರೆ ನಾಲಿಗೆ ಹಿಂದಕ್ಕಲ್ಲದೆ ಪಕ್ಕಕ್ಕೆ ವಾಲುತ್ತದೆ, ಓಣಿ ಬಹುಪಾಲು ತೆರೆದೇ ಇರುತ್ತದೆ. ದವಡೆಯ ಸಾಧನವು ಇದೇ ಕೆಲಸವನ್ನು ಬೇರೊಂದು ಬಗೆಯಲ್ಲಿ ಮಾಡುತ್ತದೆ: ಕೆಳದವಡೆಯನ್ನು ಕೆಲವು ಮಿಲಿಮೀಟರ್ ಮುಂದಕ್ಕೆ ಹಿಡಿದಿಟ್ಟು, ಅದರೊಡನೆ ನಾಲಿಗೆಯ ಬುಡವನ್ನೂ ಮುಂದಕ್ಕೆ ತರುತ್ತದೆ.

ಮನೆಯಲ್ಲಿಯೇ ಏನನ್ನಾದರೂ ಪ್ರಯೋಗಿಸುವ ಮುನ್ನ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ನಿದ್ದೆಯಲ್ಲಿ ಉಸಿರು ನಿಂತು, ಆಮೇಲೆ ಉಸಿರುಗಟ್ಟಿದಂತೆ ಬೆಚ್ಚಿ ಗಾಳಿ ಎಳೆದುಕೊಳ್ಳುವುದನ್ನು ಮನೆಯವರು ಕಂಡಿದ್ದರೆ, ಹಗಲು ಹೊತ್ತಿನಲ್ಲಿ ಗಾಡಿ ಓಡಿಸುವಾಗಲೂ ಕಣ್ಣು ಎಳೆಯುತ್ತಿದ್ದರೆ, ಅಥವಾ ಮಾತ್ರೆ ನುಂಗಿದರೂ ರಕ್ತದೊತ್ತಡ ಹತೋಟಿಗೆ ಬರದಿದ್ದರೆ, ಅದನ್ನು ಬರೀ ಗೊರಕೆ ಎಂದು ತಿಳಿಯಬಾರದು. ಅಂಥವರು ಮೊದಲು ಶ್ವಾಸಕೋಶ ತಜ್ಞರನ್ನೋ ಕಿವಿ, ಮೂಗು, ಗಂಟಲು ತಜ್ಞರನ್ನೋ ಕಂಡು ನಿದ್ರಾ ಪರೀಕ್ಷೆ ಮಾಡಿಸಿಕೊಳ್ಳಬೇಕು. ಮಕ್ಕಳ ಗೊರಕೆಯ ಕಾರಣಗಳೇ ಬೇರೆ. ಈ ಲೇಖನದ ಯಾವ ಮಾತೂ ಅವರಿಗೆ ಅನ್ವಯಿಸುವುದಿಲ್ಲ.

ನಿದ್ರಾ ಪರೀಕ್ಷೆಯನ್ನು ಈಗ ಮನೆಯಲ್ಲಿಯೇ ಒಂದು ರಾತ್ರಿ ಮಾಡಿಸಿಕೊಳ್ಳಬಹುದು. ಬೆರಳಿಗೆ ಆಮ್ಲಜನಕ ಅಳೆಯುವ ಕ್ಲಿಪ್ಪು, ಮೂಗಿನ ಕೆಳಗೆ ಸಣ್ಣ ಕೊಳವೆ, ಎದೆಗೆ ಒಂದು ಪಟ್ಟಿ, ಇಷ್ಟೇ ಅದರ ಸಲಕರಣೆ. ಗಂಟೆಗೆ ಎಷ್ಟು ಬಾರಿ ಉಸಿರು ನಿಲ್ಲುತ್ತದೆ ಅಥವಾ ಕ್ಷೀಣಿಸುತ್ತದೆ ಎಂಬುದನ್ನು ಅದು ಎಣಿಸುತ್ತದೆ. ವಯಸ್ಕರಲ್ಲಿ ಈ ಎಣಿಕೆ 5ಕ್ಕಿಂತ ಕಡಿಮೆಯಿದ್ದರೆ ಅದು ಬರೀ ಗೊರಕೆ. 5ರಿಂದ 15ರೊಳಗಿದ್ದರೆ ಸೌಮ್ಯ ಸ್ವರೂಪದ ತೊಂದರೆ. 30 ಮುಟ್ಟಿದರೆ ತೀವ್ರ. ಇಲ್ಲಿ ಹೇಳುತ್ತಿರುವ ಎರಡು ಉಪಾಯಗಳು ಮೊದಲ ಎರಡು ಗುಂಪಿನವರಿಗೆ. ಪರೀಕ್ಷೆಯ ಉಪಕರಣವು ಮಲಗಿದ ಭಂಗಿಯನ್ನೂ ದಾಖಲಿಸುತ್ತದೆಯೇ ಎಂದು ಮುಂಚಿತವಾಗಿಯೇ ಕೇಳಿಕೊಳ್ಳಿ. ಭಂಗಿಯ ಲೆಕ್ಕವಿಲ್ಲದ ವರದಿಯಲ್ಲಿ ನಮಗೆ ಬೇಕಾದ ಅರ್ಧ ಸಂಗತಿಯೇ ಇರುವುದಿಲ್ಲ.

ನಲವತ್ತಾರು ವಯಸ್ಸಿನ ಬ್ಯಾಂಕ್ ನೌಕರರೊಬ್ಬರ ಉದಾಹರಣೆಯಿಂದ ಇದನ್ನು ಸ್ಪಷ್ಟಪಡಿಸುತ್ತೇನೆ. ಅವರ ಪತ್ನಿ ಹೇಳಿದ್ದು ಹೀಗೆ: "ಪಕ್ಕಕ್ಕೆ ತಳ್ಳಿದರೆ ಸುಮ್ಮನಾಗ್ತಾರೆ ಡಾಕ್ಟ್ರೇ, ಹತ್ತು ನಿಮಿಷಕ್ಕೆ ಮತ್ತೆ ಅಂಗಾತ, ಮತ್ತೆ ಶುರು." ವರದಿಯೂ ಅದನ್ನೇ ಹೇಳಿತು. ಆರು ಗಂಟೆಯ ನಿದ್ದೆಯಲ್ಲಿ ಮೂರು ಗಂಟೆ ಅವರು ಅಂಗಾತ ಮಲಗಿದ್ದರು, ಆಗ ಎಣಿಕೆ ಗಂಟೆಗೆ 16. ಇನ್ನು ಮೂರು ಗಂಟೆ ಮಗ್ಗುಲಾಗಿದ್ದರು, ಆಗ ಗಂಟೆಗೆ 4. ಒಟ್ಟಿನ ಸರಾಸರಿ 10 ಎಂದು ವರದಿಯ ಮೊದಲ ಪುಟದಲ್ಲಿತ್ತು. ಆ ಒಂದು ಸಂಖ್ಯೆಯನ್ನಷ್ಟೇ ನೋಡಿದ್ದರೆ, ಇವರ ತೊಂದರೆಯ ಮುಕ್ಕಾಲಿಗೂ ಹೆಚ್ಚು ಪಾಲು ಬೆನ್ನಿನ ಮೇಲೆ ಮಲಗುವುದರಿಂದಲೇ ಬರುತ್ತಿದೆ ಎಂಬುದು ಕಣ್ತಪ್ಪಿ ಹೋಗುತ್ತಿತ್ತು. ಅಂಗಾತದ ಎಣಿಕೆಯು ಮಗ್ಗುಲಿನ ಎಣಿಕೆಗಿಂತ ಕನಿಷ್ಠ ಎರಡು ಪಟ್ಟು ಇದ್ದರೆ ಅದನ್ನು ಭಂಗಿಗೆ ಸಂಬಂಧಿಸಿದ ತೊಂದರೆ ಎಂದು ಕರೆಯುವುದು ರೂಢಿ. ಇವರದು ನಾಲ್ಕು ಪಟ್ಟಿತ್ತು.

ಆದ್ದರಿಂದ ಮೊದಲ ಮೂರು ವಾರ ಮಗ್ಗುಲು ನಿದ್ದೆಯ ಅಭ್ಯಾಸ. ಮಗ್ಗುಲಾಗಿ ಮಲಗಿ ಎಂದು ಹೇಳಿದ ಮಾತ್ರಕ್ಕೆ ಅದು ಸಾಧ್ಯವಾಗುವುದಿಲ್ಲ, ನಿದ್ದೆ ಹತ್ತಿದ ಮೇಲೆ ಮೈ ಹೇಳಿದ ಮಾತು ಕೇಳದು. ಮೊದಲು ದಿಂಬನ್ನು ಸರಿಪಡಿಸಿಕೊಳ್ಳಬೇಕು: ಕಿವಿಯಿಂದ ಭುಜದ ಅಂಚಿನವರೆಗಿನ ಅಂತರವನ್ನು ತುಂಬುವಷ್ಟು ಎತ್ತರದ, ತಲೆಯ ಭಾರಕ್ಕೆ ಪೂರ್ತಿ ಕುಸಿಯದ ದಿಂಬು ಬೇಕು. ದಿಂಬು ತೆಳ್ಳಗಿದ್ದರೆ ಕೆಳಗಿನ ಭುಜ ನೋಯತೊಡಗಿ, ಮಧ್ಯರಾತ್ರಿಯ ಹೊತ್ತಿಗೆ ಮನುಷ್ಯ ತಾನಾಗಿಯೇ ಅಂಗಾತವಾಗುತ್ತಾನೆ. ಮಂಡಿಗಳ ನಡುವೆ ಇನ್ನೊಂದು ದಿಂಬು ಇಟ್ಟುಕೊಂಡರೆ ಸೊಂಟ ತಿರುಚಿಕೊಳ್ಳುವುದಿಲ್ಲ. ಬೆನ್ನ ಹಿಂದೆ, ಭುಜದಿಂದ ಸೊಂಟದವರೆಗೆ ಬರುವಂತೆ ಉದ್ದನೆಯ ಗಟ್ಟಿ ದಿಂಬನ್ನೋ ಬಿಗಿಯಾಗಿ ಸುತ್ತಿದ ಕಂಬಳಿಯನ್ನೋ ಒತ್ತಿಡಬೇಕು. ಹುಳಿತೇಗು, ಎದೆಯುರಿ ಇರುವವರಿಗೆ ಎಡಮಗ್ಗುಲು ಮೇಲು. ಉಳಿದವರು ಯಾವ ಮಗ್ಗುಲಿಗಾದರೂ ಮಲಗಬಹುದು.

ಅಂಗಿಯ ಬೆನ್ನಿಗೆ ಜೇಬು ಹೊಲಿದು ಟೆನಿಸ್ ಚೆಂಡು ಇಟ್ಟುಕೊಳ್ಳುವ ಹಳೆಯ ಉಪಾಯ ಹಲವರಿಗೆ ಗೊತ್ತಿದೆ. ಅದು ಕೆಲಸ ಮಾಡುತ್ತದೆ, ಆದರೆ ಬೆನ್ನು ನೋವೆಂದೋ ನಿದ್ದೆ ಕೆಡುತ್ತದೆಂದೋ ಬಹುತೇಕರು ಕೆಲವು ತಿಂಗಳಲ್ಲಿ ಬಿಟ್ಟುಬಿಡುತ್ತಾರೆ. ಖಾಲಿ ಶಾಲಾ ಚೀಲದಲ್ಲಿ ಸಣ್ಣ ಮೆತ್ತೆ ತುಂಬಿ ಹೆಗಲಿಗೇರಿಸಿ ಮಲಗುವುದು ಇದಕ್ಕಿಂತ ಸಹನೀಯ ಎಂಬುದು ನನ್ನ ಅನುಭವ. ಎದೆಗೋ ಕತ್ತಿಗೋ ಕಟ್ಟಿಕೊಂಡರೆ, ಅಂಗಾತವಾದೊಡನೆ ಮೆಲ್ಲಗೆ ಅದುರಿ ಎಚ್ಚರಿಸುವ ಉಪಕರಣಗಳೂ ಇವೆ.

ಇಲ್ಲಿ ಬಹಳ ಜನ ಎಡವುವ ಒಂದು ಸೂಕ್ಷ್ಮವಿದೆ. ಮೈ ಮಗ್ಗುಲಾಗಿದ್ದರೂ ಮುಖ ಸೂರಿನ ಕಡೆ ತಿರುಗಿದ್ದರೆ ದವಡೆ ಹಿಂದಕ್ಕೇ ಜಾರುತ್ತದೆ, ಗೊರಕೆ ಮುಂದುವರಿಯುತ್ತದೆ. ಆಗ "ಮಗ್ಗುಲಾದರೂ ಪ್ರಯೋಜನವಿಲ್ಲ" ಎಂಬ ತಪ್ಪು ತೀರ್ಮಾನಕ್ಕೆ ಬರಬೇಡಿ. ಮುಖವನ್ನು ಮೈಯಷ್ಟೇ ಪಕ್ಕಕ್ಕೆ ತಿರುಗಿಸಿ ಮತ್ತೊಮ್ಮೆ ನೋಡಿ. ಫೋನನ್ನು ಹಾಸಿಗೆಯ ಪಕ್ಕದಲ್ಲಿಟ್ಟು ಸದ್ದು ದಾಖಲಿಸಿಕೊಳ್ಳುವುದು ಒಳ್ಳೆಯದು. ಹಾಗೆ ಮಾಡುವಾಗ ಒಂದೊಂದು ರಾತ್ರಿಯೂ ಮದ್ಯ ಸೇವಿಸಿದ್ದಿರೋ, ಮೂಗು ಕಟ್ಟಿತ್ತೋ ಎಂಬುದನ್ನು ಬರೆದಿಡಿ, ಏಕೆಂದರೆ ಇವೆರಡೂ ಗೊರಕೆಯನ್ನು ಹೆಚ್ಚಿಸಿ ಹೋಲಿಕೆಯನ್ನೇ ಕೆಡಿಸುತ್ತವೆ.

ಬ್ಯಾಂಕ್ ನೌಕರರಿಗೆ ಮೂರು ವಾರಗಳಲ್ಲಿ ಗೊರಕೆ ಅರ್ಧಕ್ಕಿಳಿಯಿತು. ಆದರೆ ಅವರ ಬಲಭುಜದಲ್ಲಿ ಹಳೆಯ ಪೆಟ್ಟಿನ ನೋವಿತ್ತು. ಎಡಮಗ್ಗುಲಿನಲ್ಲಿಯೇ ಇಡೀ ರಾತ್ರಿ ಕಳೆಯಲಾಗದೆ ಬೆಳಗಿನ ಜಾವ ಅಂಗಾತವಾಗುತ್ತಿದ್ದರು. ಸಾಧನದ ಮಾತು ಬಂದದ್ದು ಆಗಲೇ.

ಸಾಧನ ಎಂದರೆ ಮೇಲಿನ ಮತ್ತು ಕೆಳಗಿನ ಹಲ್ಲುಗಳ ಮೇಲೆ ಕೂರುವ ಎರಡು ಅಕ್ರಿಲಿಕ್ ಕವಚಗಳು, ಅವುಗಳನ್ನು ಜೋಡಿಸಿ ಕೆಳಗಿನದನ್ನು ಮುಂದಿಡುವ ತಿರುಪು ಅಥವಾ ಪಟ್ಟಿ. ಔಷಧದ ಅಂಗಡಿಯಲ್ಲೂ ಅಂತರ್ಜಾಲದಲ್ಲೂ ಸಿಗುವ, ಬಿಸಿನೀರಿನಲ್ಲಿ ಮೆದುಗೊಳಿಸಿ ಕಚ್ಚಿ ಆಕಾರ ಕೊಡುವ ಅಗ್ಗದ ಸಾಧನಗಳನ್ನು ನಾನು ಶಿಫಾರಸು ಮಾಡುವುದಿಲ್ಲ. ಅವು ರಾತ್ರಿ ಹಲ್ಲಿನಿಂದ ಕಳಚಿಕೊಳ್ಳುವುದು ಹೆಚ್ಚು, ಮುಂದಕ್ಕೆ ಎಷ್ಟು ಎಳೆಯುತ್ತಿವೆ ಎಂಬುದರ ಲೆಕ್ಕವೂ ಇರುವುದಿಲ್ಲ. ಅಮೆರಿಕದ ನಿದ್ರಾ ವೈದ್ಯರ ಮತ್ತು ನಿದ್ರಾ ದಂತವೈದ್ಯರ ಸಂಘಗಳು 2015ರಲ್ಲಿ ಜಂಟಿಯಾಗಿ ಹೊರಡಿಸಿದ ಮಾರ್ಗಸೂಚಿಯೂ ಹಲ್ಲಿನ ಅಚ್ಚು ತೆಗೆದು ಮಾಡಿದ, ಹಂತಹಂತವಾಗಿ ಹೊಂದಿಸಬಹುದಾದ ಸಾಧನದ ಪರವಾಗಿಯೇ ಇದೆ.

ಅಚ್ಚು ತೆಗೆಯುವ ಮೊದಲು ಬಾಯಿಯನ್ನು ಪರೀಕ್ಷಿಸಬೇಕು. ಕವಚ ಹಿಡಿದು ನಿಲ್ಲಲು ಎರಡೂ ದವಡೆಗಳಲ್ಲಿ ಸಾಕಷ್ಟು ಗಟ್ಟಿ ಹಲ್ಲುಗಳಿರಬೇಕು. ವಸಡಿನ ರೋಗದಿಂದ ಹಲ್ಲು ಅಲುಗಾಡುತ್ತಿದ್ದರೆ, ತುಂಬಿಸಬೇಕಾದ ಹುಳುಕಿದ್ದರೆ, ಮೊದಲು ಅದಕ್ಕೆ ಚಿಕಿತ್ಸೆ. ಬಾಯಿ ತೆರೆಯುವಾಗ ಕಿವಿಯ ಮುಂದಿನ ಕೀಲು ನೋಯುವವರಿಗೆ ಈ ಸಾಧನ ಸಾಮಾನ್ಯವಾಗಿ ಸಲ್ಲದು. ಹಲ್ಲೇ ಇಲ್ಲದವರಿಗೆ ಬೇರೊಂದು ಬಗೆಯದಿದೆ: ಮೆತ್ತನೆಯ ಬುರುಡೆಯೊಂದು ಹೀರುವ ಒತ್ತಡದಿಂದ ನಾಲಿಗೆಯ ತುದಿಯನ್ನು ಮುಂದಕ್ಕೆ ಹಿಡಿದಿಡುತ್ತದೆ. ಆದರೆ ಅದಕ್ಕೆ ಒಗ್ಗಿಕೊಳ್ಳುವುದು ಕಷ್ಟ.

ನೌಕರರ ಕೆಳದವಡೆಯನ್ನು ಪೂರ್ತಿ ಹಿಂದಕ್ಕೆಳೆದ ಸ್ಥಾನದಿಂದ ಪೂರ್ತಿ ಮುಂದಕ್ಕೆ ಚಾಚಿದ ಸ್ಥಾನದವರೆಗೆ ಅಳೆದಾಗ 10 ಮಿಲಿಮೀಟರ್ ಬಂತು. ಅದರ ಅರ್ಧ, ಅಂದರೆ 5 ಮಿಲಿಮೀಟರ್‌ನಲ್ಲಿ ಸಾಧನವನ್ನು ಹೊಂದಿಸಿ ಕೊಟ್ಟೆ. ಮೊದಲ ವಾರ ಜೊಲ್ಲು ಸುರಿಯಿತು, ಬೆಳಗ್ಗೆ ಕೆನ್ನೆಯ ಸ್ನಾಯು ಬಿಗಿದಿರುತ್ತಿತ್ತು. ಇವೆರಡೂ ನಿರೀಕ್ಷಿತ, ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಕಡಿಮೆಯಾಗುವಂಥವು. ನಂತರ ವಾರಕ್ಕೆ ಅರ್ಧ ಮಿಲಿಮೀಟರ್‌ನಂತೆ ಮುಂದಕ್ಕೆ ತಂದೆವು. ನಾಲ್ಕು ವಾರಗಳಲ್ಲಿ 7 ಮಿಲಿಮೀಟರ್ ತಲುಪಿದಾಗ ಗೊರಕೆ ನಿಂತಿತು. ನಡುವೆ ಒಮ್ಮೆ, ಬೇಗ ಗುಣವಾಗಲೆಂದು ಅವರು ತಾವೇ ತಿರುಪನ್ನು ಎರಡು ಪಟ್ಟು ತಿರುಗಿಸಿಕೊಂಡು, ಕೀಲಿನ ನೋವಿನಿಂದ ಎರಡು ದಿನ ಚಪಾತಿ ಅಗಿಯಲಾರದೆ ಒದ್ದಾಡಿದರು. ನೋವು ಮಧ್ಯಾಹ್ನವಾದರೂ ಉಳಿದರೆ ಒಂದು ಹೆಜ್ಜೆ ಹಿಂದಕ್ಕೆ ತಂದು ವಾರ ಕಾಯಬೇಕೇ ಹೊರತು, ಮುಂದೆ ತಳ್ಳಬಾರದು.

ಪ್ರತಿದಿನ ಬೆಳಗ್ಗೆ ಸಾಧನ ತೆಗೆದ ಮೇಲೆ ಹಲ್ಲುಗಳು ಎಂದಿನಂತೆ ಕೂಡುವುದಿಲ್ಲ. ಆಗ ಹಿಂದಿನ ದವಡೆಹಲ್ಲುಗಳನ್ನು ಮೆಲ್ಲಗೆ ಕಚ್ಚಿಹಿಡಿಯುವ ಅಭ್ಯಾಸವನ್ನು, ಅಥವಾ ದಂತವೈದ್ಯರು ಮಾಡಿಕೊಟ್ಟ ಸಣ್ಣ ಅಚ್ಚನ್ನು ಕಚ್ಚುವುದನ್ನು, ಕೆಲವು ನಿಮಿಷ ತಪ್ಪದೆ ಮಾಡಬೇಕು. ಅಷ್ಟಾದರೂ ವರ್ಷಗಳು ಕಳೆದಂತೆ ಮೇಲಿನ ಮುಂಹಲ್ಲುಗಳು ಸ್ವಲ್ಪ ಒಳಕ್ಕೆ, ಕೆಳಗಿನವು ಸ್ವಲ್ಪ ಹೊರಕ್ಕೆ ವಾಲಿ ಕಚ್ಚುವ ರೀತಿ ಬದಲಾಗುವುದುಂಟು. ಇದನ್ನು ಸಾಧನ ಕೊಡುವ ಮೊದಲೇ ಹೇಳಬೇಕಾದದ್ದು ವೈದ್ಯರ ಕರ್ತವ್ಯ. ಹೇಳದಿದ್ದರೆ ನೀವೇ ಕೇಳಿ.

ಗೊರಕೆ ನಿಂತ ದಿನ ಅನೇಕರು ಚಿಕಿತ್ಸೆ ಮುಗಿಯಿತೆಂದು ಭಾವಿಸುತ್ತಾರೆ. ಸದ್ದು ಹೋದ ಮಾತ್ರಕ್ಕೆ ಉಸಿರಿನ ಅಡೆತಡೆ ಹೋಯಿತೆಂದು ಹೇಳಲಾಗದು. ಅಂಗುಳದ ಅದುರುವಿಕೆ ನಿಂತೂ ಓಣಿ ಆಗಾಗ ಮುಚ್ಚಿಕೊಳ್ಳುತ್ತಿರಬಹುದು, ಆಗ ಮನೆಯವರಿಗೆ ಕೇಳಿಸುವುದು ಮೌನ ಮಾತ್ರ. ಮೊದಲ ವರದಿಯಲ್ಲಿ ಎಣಿಕೆ 5 ಅಥವಾ ಅದಕ್ಕಿಂತ ಹೆಚ್ಚಿದ್ದವರೆಲ್ಲರೂ ಸಾಧನವನ್ನು ಹಾಕಿಕೊಂಡೇ ಎರಡನೆಯ ನಿದ್ರಾ ಪರೀಕ್ಷೆ ಮಾಡಿಸಿಕೊಳ್ಳಬೇಕು. ನಮ್ಮ ನೌಕರರ ಎಣಿಕೆ ಅಂಗಾತ ಮಲಗಿದಾಗ 5, ಮಗ್ಗುಲಿನಲ್ಲಿ 2 ಬಂತು. ಬೆನ್ನ ಹಿಂದಿನ ದಿಂಬನ್ನು ಬಿಡಬೇಡಿ ಎಂದು ಹೇಳಿದೆ, ಏಕೆಂದರೆ ಎರಡೂ ಸೇರಿದಾಗ ಫಲ ಹೆಚ್ಚು. ಈ ಎರಡನೆಯ ಪರೀಕ್ಷೆಯಲ್ಲಿ ಎಣಿಕೆ ಇಳಿಯದೆ ಹೋಗಿದ್ದರೆ, ಮುಖವಾಡದ ಮೂಲಕ ಗಾಳಿ ಊದಿ ಓಣಿಯನ್ನು ತೆರೆದಿಡುವ ಗಾಳಿಯೊತ್ತಡದ ಯಂತ್ರದ ವಿಚಾರವನ್ನು ನಿದ್ರಾ ತಜ್ಞರೊಡನೆ ಮಾತನಾಡಲೇಬೇಕಾಗುತ್ತಿತ್ತು.

ಸಾಧನವನ್ನು ದಿನವೂ ತಣ್ಣೀರಿನಲ್ಲಿ ಮೆದು ಬ್ರಷ್‌ನಿಂದ ತೊಳೆಯಿರಿ. ಬಿಸಿನೀರು ಅದರ ಆಕಾರವನ್ನು ಕೆಡಿಸುತ್ತದೆ, ಟೂತ್‌ಪೇಸ್ಟ್ ಗೀರು ಮೂಡಿಸುತ್ತದೆ. ಹಲ್ಲಿಗೆ ಹೊಸದಾಗಿ ಟೋಪಿ ಹಾಕಿಸಿಕೊಳ್ಳುವುದಿದ್ದರೆ ಮೊದಲೇ ತಿಳಿಸಿ, ಇಲ್ಲವಾದರೆ ಕವಚ ಅದರ ಮೇಲೆ ಕೂರುವುದಿಲ್ಲ. ಮೊದಲ ವರ್ಷ ಆರು ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ತಪಾಸಣೆಗೆ ಬರುವಾಗ ಸಾಧನವನ್ನೂ ಜೊತೆಗೆ ತನ್ನಿ. ತೂಕ ಐದಾರು ಕಿಲೋ ಏರಿದ್ದರೆ ಅಥವಾ ಗೊರಕೆ ಮರಳಿದ್ದರೆ ತಪಾಸಣೆಯ ದಿನದವರೆಗೆ ಕಾಯದೆ ಬನ್ನಿ.